ಖಂಡೇಪೂಜೆಗೆ ಬಂದ ಖಾರದ ಮಷಿನ್ನು

ಬ್ಯಾಡಗಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಝೆರಾಕ್ಸ್ ಅಂತ ಬೋರ್ಡಿದ್ದರೂ ನಾನು ನಿಜವಾಗಿ ಮಾರುವುದು ಅರ್ಜಿಗಳನ್ನು. ಸಾಲದ ಅರ್ಜಿ, ಪಿಂಚಣಿಯ ಅರ್ಜಿ, ರೇಷನ್ ಕಾರ್ಡಿನ ಅರ್ಜಿ. ಬರುವವರೆಲ್ಲ ಆಸೆ ಹೊತ್ತು ಬರುತ್ತಾರೆ, ಹೋಗುವಾಗ ಇನ್ನೊಂದು ಕಾಗದ ತರುವ ಚಿಂತೆ ಹೊತ್ತು ಹೋಗುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನನ್ನ ಅಂಗಡಿಯಲ್ಲಿ ಒಂದು ವಾರ ಕೂತರೆ ಆ ಮಾತಿನ ಅರ್ಥ ಪೂರ್ತಿ ತಿಳಿಯುತ್ತದೆ.

ಮೋಟೆಬೆನ್ನೂರಿನ ಫಕೀರವ್ವ ನನ್ನ ಅಂಗಡಿಗೆ ಮೊದಲು ಬಂದದ್ದು ಒಂದು ಯುಗಾದಿ ಕಳೆದ ಮೇಲೆ. ಮಾರುಕಟ್ಟೆಯ ಭರಾಟೆ ಇಳಿದಿತ್ತು. ಮದುವೆಯಾಗಿ ಬಂದಾಗಿನಿಂದ ಆಕೆ ವರ್ತಕರ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿದವಳು. ಗಂಡ ಅದೇ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ ಸೊಂಟ ಕಳೆದುಕೊಂಡು ಮನೆ ಹಿಡಿದಿದ್ದ. ಆಕೆಯ ಬೆರಳುಗಳು ಸದಾ ಕೆಂಪು. ಕೈ ಎಷ್ಟು ತೊಳೆದರೂ ಉರಿ ಹೋಗುತ್ತಿರಲಿಲ್ಲವಂತೆ.

"ನನ್ನ ಮಕ್ಕಳ ಮಾರಿ ನಾ ಅಂಗೈಲೆ ಸವರಿದಾಕೆನ ಅಲ್ಲ ತಮ್ಮಾ" ಅಂದಳು. "ಮೊಣಕೈಲೆ ಕಣ್ಣೀರು ಒರಸಿ ಬೆಳಸೇನಿ. ಮಂದಿ ಮೆಣಸಿನಕಾಯಿ ಮುರಿದದ್ದು ಸಾಕಾತು. ಒಂದು ಖಾರ ಕುಟ್ಟೂ ಮಷಿನ್ ಹಾಕ್ಬೇಕು. ಪಾಕೀಟಿನ ಮ್ಯಾಲೆ ನನ್ನ ಹೆಸರು ಇರಬೇಕು."

"ಅಡ ಇಡಾಕ ಏನೈತಿ ಅಕ್ಕಾ?"

"ಕಿವ್ಯಾಗಿನ ಬೆಂಡೋಲಿ ಬಿಟ್ರ ಏನೂ ಇಲ್ಲ. ಅದಕ್ಕ ನಿನ್ನ ಕಡೆ ಬಂದೇನಿ."

ಅಡ ಇಡಲು ಏನೂ ಇಲ್ಲದವರಿಗೆಂದೇ ಸರಕಾರದ ಪಿಎಂಇಜಿಪಿ ಯೋಜನೆ ಇದೆ. ಹತ್ತು ಲಕ್ಷದ ಒಳಗಾದರೆ ಬ್ಯಾಂಕು ಆಸ್ತಿ ಕೇಳುವಂತಿಲ್ಲ. ಹಳ್ಳಿಯ ಹೆಂಗಸಾದರೆ ತನ್ನ ಪಾಲು ನೂರಕ್ಕೆ ಐದು ಹಾಕಿದರೆ ಸಾಕು, ಮೂವತ್ತೈದು ಪಾಲು ಸಬ್ಸಿಡಿ. ಕೇಳಿದವರ ಬಾಯಲ್ಲಿ ನೀರೂರಬೇಕು, ಹಾಗಿದೆ ಯೋಜನೆ. ನೀರು ಆರುವುದು ಆಮೇಲೆ.

ಆಧಾರ್, ಪ್ಯಾನ್, ಫೋಟೋ ಇದ್ದವು. ಊರು ಗ್ರಾಮೀಣ ಪ್ರದೇಶ ಅನ್ನುವುದಕ್ಕೆ ಪಂಚಾಯಿತಿಯ ದಾಖಲೆ, ಮಷಿನ್ ಮಾರುವವರಿಂದ ಜಿಎಸ್‌ಟಿ ನಂಬರಿದ್ದ ಕೊಟೇಶನ್ನು, ಶೆಡ್ಡಿನ ಬಾಡಿಗೆ ಕರಾರು, ಇಷ್ಟು ಕಾಯಿ ಕೊಂಡು ಇಷ್ಟು ಖಾರ ಮಾರಿದರೆ ಕಂತು ಹೇಗೆ ತೀರುತ್ತದೆ ಅನ್ನುವ ಯೋಜನಾ ವರದಿ, ಇವನ್ನೆಲ್ಲ ಹೊಂದಿಸಬೇಕಿತ್ತು. ವರದಿ ನಾನು ಬರೆದೆ. ಹತ್ತಿರ ಅಂತ ಆಕೆ ಅರ್ಜಿಯಲ್ಲಿ ಬ್ಯಾಡಗಿಯ ಒಂದು ಬ್ಯಾಂಕಿನ ಶಾಖೆ ಆರಿಸಿದಳು. ಮೋಟೆಬೆನ್ನೂರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ ಅವರು ವಾಪಸು ಕಳಿಸಿದರು. ಆಕೆಯ ಊರು ಸೇರಿದ ಇನ್ನೊಂದು ಶಾಖೆಗೆ ಹಾಕಿದೆವು. ಅಲ್ಲಿ ಬೇರೆ ತೊಡಕು. ಹಳೆಯ ಸಾಲಗಳ ಚರಿತ್ರೆ ತೆಗೆದರೆ ಆಕೆಯ ಹೆಸರಿನಲ್ಲಿ ಸಂಘದ ಸಾಲವೊಂದರ ಕಂತು ಬಾಕಿ ಇತ್ತು.

"ನಾ ಎಲ್ಲೂ ಸಾಲಾ ಮಾಡಿಲ್ಲ!" ಅಂತ ಎದೆ ಬಡಿದುಕೊಂಡಳು.

"ನಾದಿನಿಗೆ ಎತ್ತಿಸಿ ಕೊಟ್ಟೀಯೇನು ನೆನಪು ಮಾಡ್ಕೋ" ಅಂದೆ.

"ಹೌದ ನೋಡ, ಆಕಿ ಮಗಳ ಮದುವಿಗೆ" ಅಂದಳು. ನಮ್ಮ ಕಡೆಯ ಹೆಂಗಸರು ಸಂಘದಲ್ಲಿ ತಮ್ಮ ಹೆಸರನ್ನು ಅಕ್ಕಿ ಸಾಲ ಕೊಟ್ಟಷ್ಟು ಸಲೀಸಾಗಿ ಕೊಟ್ಟುಬಿಡುತ್ತಾರೆ. ನಾದಿನಿಯ ಮಗಳ ಮದುವೆಯಾಯಿತು, ಬಾಣಂತನವೂ ಆಯಿತು, ಕಂತು ಮಾತ್ರ ನಿಂತಿತ್ತು. ಫಕೀರವ್ವ ಅದನ್ನು ತಾನೇ ತೀರಿಸಿ, ತೀರಿದ ಚೀಟಿ ತಂದು, ಅದು ದಾಖಲೆಯಲ್ಲಿ ಮೂಡುವ ತನಕ ಮತ್ತೆ ಕಾದಳು. ಈ ನಡುವೆ ಒಬ್ಬ ದಲ್ಲಾಳಿ, ನೂರಕ್ಕೆ ಹತ್ತು ಕೊಟ್ಟರೆ ನಾಳೆಯೇ ಸಾಲ ಕೊಡಿಸುತ್ತೇನೆ ಅಂತ ಆಕೆಯ ಬೆನ್ನು ಬಿದ್ದಿದ್ದ. ಅವನಿಗೆ ನನ್ನ ಅಂಗಡಿಯ ಮುಂದೆಯೇ ಬೈದು ಕಳಿಸಿದೆ. ಈ ಸಾಲಕ್ಕೆ ಯಾರಿಗೂ ಕಾಸು ಕೊಡಬೇಕಿಲ್ಲ, ಚಪ್ಪಲಿ ಸವೆಸಿದರೆ ಸಾಕು.

ಆ ಶಾಖೆಯ ಮ್ಯಾನೇಜರು ಹೈಮವತಿ ಅನ್ನುವವರು. ಅನಂತಪುರದ ಕಡೆಯವರು, ಮಾತು ಕಡಿಮೆ. ಹಾವೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಿಂದ ಅರ್ಜಿ ಅವರ ಮೇಜಿಗೆ ಬಂದಿತ್ತು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಅವರು, "ಎಲ್ಲ ಸರಿ ಇದೆ. ದಸರಾ ಮುಗಿದ ಮೇಲೆ ಸ್ಥಳ ನೋಡೋಕೆ ಬರ್ತೀನಿ, ಆಮೇಲೆ ಮಂಜೂರಿ" ಅಂದರು. ಫಕೀರವ್ವ ಅವರಿಗೆ ಅಲ್ಲೇ ಕೈ ಮುಗಿದಳು. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಬಿಸಿ ಮಿರ್ಚಿ ಬಜ್ಜಿ ಕೊಡಿಸಿದಳು. ನಾನೂ ಆವತ್ತು ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ.

ಬನ್ನಿ ಹಬ್ಬದ ಮರುದಿನ ಆಕೆ ಹೊಸ ಇಳಕಲ್ ಸೀರೆ ಉಟ್ಟು, ಕೈಚೀಲ ಹಿಡಿದು ಬಂದಳು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ನನಗೆ ಬನ್ನಿ ಎಲೆ ಕೊಟ್ಟಳು. ಮ್ಯಾಡಮ್ಮಾರಿಗೂ ಕೊಡಬೇಕು, ಜೊತೆಗೆ ಬಾ ಅಂದಳು. ಚೀಲದಲ್ಲೇನು ಅಂದರೆ ನಕ್ಕು, "ಮದಲ ಅವರಿಗೆ, ಆಮ್ಯಾಲೆ ನಿನಗ" ಅಂದಳು.

ಮ್ಯಾನೇಜರು ಬನ್ನಿ ತೆಗೆದುಕೊಂಡರು. ಫಕೀರವ್ವ ಚೀಲದಿಂದ ಒಂದು ಪಾಕೀಟು ತೆಗೆದು ಮೇಜಿನ ಮೇಲಿಟ್ಟಳು. ಕೆಂಪಗೆ ಹೊಳೆಯುವ ಖಾರದ ಪುಡಿ. ಅದರ ಮೇಲೊಂದು ಚೀಟಿ, ಚೀಟಿಯಲ್ಲಿ ಆಕೆಯ ಹೆಸರು.

"ಚೆನ್ನಾಗಿದೆ. ಎಲ್ಲಿ ಕುಟ್ಟಿಸಿದ್ರಿ?"

"ಎಲ್ಲಿ ಅಂದ್ರ ಏನ್ರಿ? ನಮ್ಮ ಮಷಿನ್ನಾಗ ರೀ! ಖಂಡೇಪೂಜಿಗೆ ತಂದು ಕುಂದ್ರಿಸೇವಿ. ಕುಂಕುಮ ಹಚ್ಚಿ, ಕಾಯಿ ಒಡದು, ಮದಲನೇ ಖಾರ ಊರಿಗೆಲ್ಲ ಹಂಚೇವಿ."

ಆದದ್ದಿಷ್ಟು. ರಾಣೆಬೆನ್ನೂರಿನಲ್ಲಿ ಮಷಿನ್ ಮಾರುವ ಅಜ್ಜಪ್ಪ ಶೆಟ್ರು, ಆಯುಧ, ಯಂತ್ರ ಪೂಜಿಸುವ ಖಂಡೇಪೂಜೆಯ ದಿನ ಕಬ್ಬಿಣ ಮನೆಗೆ ಬರುವುದು ಶುಭ, ದುಡ್ಡು ಹೇಗೂ ಬ್ಯಾಂಕಿನಿಂದ ಬರುತ್ತದೆ ಅಂದಿದ್ದರು. ಈಕೆ ಕಿವಿಯ ಬೆಂಡೋಲೆ ಅಡವಿಟ್ಟು ಮುಂಗಡ ಕೊಟ್ಟಿದ್ದಳು. ಆ ಹಬ್ಬ ಬಿಟ್ಟರೆ ಇನ್ನೊಂದು ವರ್ಷ ಅಂಥ ದಿನ ಸಿಗದು ಅನ್ನುವುದು ಆಕೆಯ ಲೆಕ್ಕ. ನಮ್ಮೂರುಗಳಲ್ಲಿ ಯಾರನ್ನು ಕೇಳಿದರೂ ಸರಿ ಮಾಡಿದೆ ಅಂತಲೇ ಹೇಳುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರೆ. ಇಲ್ಲಿ ಮಂಜೂರಿಗಿಂತ ಮುಂಚೆ ಕೂಸೇ ಹುಟ್ಟಿತ್ತು.

ಹೈಮವತಿ ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಫಕೀರವ್ವ, ಈ ಯೋಜನೆ ಹೊಸ ಘಟಕಕ್ಕೆ ಮಾತ್ರ. ಶುರು ಆಗಿರೋದಕ್ಕೆ ಕೊಡೋ ಹಾಗಿಲ್ಲ."

"ಹೊಸಾದೇ ಐತಲ್ರೀ? ನಾಕು ದಿನಾ ಆಗಿಲ್ಲ!"

"ಮಂಜೂರಿ ಆಗೋ ಮುಂಚೆ ಶುರು ಮಾಡಿದ್ರಿ. ನಾನು ಬಂದು ಸ್ಥಳದ ಫೋಟೋ ಹಾಕಬೇಕು. ಕುಂಕುಮ ಹಚ್ಚಿದ ಮಷಿನ್ನು ಕಾಣಿಸಲಿಲ್ಲ ಅಂತ ನಾನು ಹೇಗೆ ಬರೀಲಿ?"

ಫಕೀರವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಮ್ಯಾನೇಜರ ಮೇಲೆ ಸಿಟ್ಟು ಮಾಡಲಿಕ್ಕೂ ಆಗಲಿಲ್ಲ, ಅವರು ಹೇಳಿದ್ದು ನಿಯಮ. ಅಜ್ಜಪ್ಪ ಶೆಟ್ರ ಮೇಲೆ ಬಂದ ಸಿಟ್ಟು ಮಾತ್ರ ಈಗಲೂ ಇಳಿದಿಲ್ಲ. ವಾರದೊಳಗೆ ಅರ್ಜಿ ತಿರಸ್ಕೃತ ಅಂತ ಮೊಬೈಲಿಗೆ ಬಂತು. ಸಬ್ಸಿಡಿ ಹೋಯಿತು.

ಶೆಟ್ರು ಮರುವಾರವೇ ಟೆಂಪೋ ಸಮೇತ ಬಂದರು. ದುಡ್ಡು ಕೊಡು, ಇಲ್ಲ ಮಷಿನ್ ಬಿಡು ಅಂದರು. ಫಕೀರವ್ವ ಶೆಡ್ಡಿನ ಬಾಗಿಲಿಗೆ ಅಡ್ಡ ಕೂತಳಂತೆ. "ಖಂಡೇಪೂಜಿ ಮಾಡಿದ ಕಬ್ಬಿಣ ಹೊಸ್ತಿಲಾ ದಾಟಸ್ತೀರೇನು ಶೆಟ್ರ? ಶುಭ ಅಂದಾವರು ನೀವ. ತಿಂಗಳಾ ತಿಂಗಳಾ ದುಡದು ಕೊಡ್ತೀನಿ" ಅಂದಳಂತೆ. ಊರವರೂ ಕೂಡಿದರು. ಶೆಟ್ರು ಮುಂದಿನ ಮುಂಗಾರಿನ ಕಾರಹುಣ್ಣಿಮೆಯ ತನಕ ಗಡುವು ಕೊಟ್ಟು ಟೆಂಪೋ ಖಾಲಿ ಹೊಡೆದುಕೊಂಡು ಹೋದರು.

ಮತ್ತೆ ಬ್ಯಾಂಕಿಗೆ ಹೋದೆವು. ಮ್ಯಾನೇಜರು ಕೂರಲು ಹೇಳಿ, ಚಹಾ ತರಿಸಿದರು.

"ನಡೀತಿರೋ ಘಟಕಕ್ಕೆ ಮುದ್ರಾ ಸಾಲ ಇದೆ. ಅದಕ್ಕೂ ಅಡ ಬೇಡ, ಸರಕಾರದ ಗ್ಯಾರಂಟಿ ಇರತ್ತೆ. ಸಬ್ಸಿಡಿ ಇಲ್ಲ ಅಷ್ಟೆ. ಆದ್ರೆ ನಿಜವಾಗಿ ನಡೀತಿದೆ ಅಂತ ನೀವು ತೋರಿಸ್ಬೇಕು. ಆರು ತಿಂಗಳ ಖಾತೆ ನೋಡ್ತೀನಿ."

ಫಕೀರವ್ವ ಚಹಾದ ಬಟ್ಟಲು ಕೆಳಗಿಟ್ಟಳು.

"ಮನ್ನೆ ನಡದೈತಿ ಅಂತ ಒಲ್ಲೆ ಅಂದ್ರಿ. ಇವತ್ತ ನಡದದ್ದು ತೋರಸು ಅಂತೀರಿ. ನಾ ಏನ ತಿಳ್ಕೋಬೇಕ್ರೀ ಮ್ಯಾಡಮ್ಮಾರ?"

ಮ್ಯಾನೇಜರು ಬೇಕಾದ ಕಾಗದಗಳ ಪಟ್ಟಿ ಬರೆದು ನನ್ನ ಕೈಗಿಟ್ಟರು.

ಆಕೆ ಕುಟ್ಟುತ್ತಿದ್ದದ್ದಕ್ಕೆಲ್ಲ ಕೈಗೆ ರೊಕ್ಕ ತೆಗೆದುಕೊಂಡು ಸೀರೆಯ ಸೆರಗಿಗೆ ಗಂಟು ಹಾಕುತ್ತಿದ್ದಳು. ಸೆರಗಿನ ಗಂಟನ್ನು ಯಾವ ಬ್ಯಾಂಕು ಓದುತ್ತದೆ? ಶೆಡ್ಡಿನ ಗೋಡೆಗೆ ಸ್ಕ್ಯಾನ್ ಮಾಡುವ ಚೀಟಿ ನಾನೇ ಅಂಟಿಸಿದೆ. ಮೊಬೈಲಿಗೆ ದುಡ್ಡು ಹಾಕದವರಿಗೆ ಖಾರ ಕುಟ್ಟಿ ಕೊಡುವುದಿಲ್ಲ ಅಂತ ಆಕೆ ಹಟ ಹಿಡಿದಳು. ಊರ ಮುದುಕಿಯರು, "ಭಾಳ ಸಾಹುಕಾರ್ತಿ ಆಗ್ಯಾಳ ನೋಡ" ಅಂತ ಆಡಿಕೊಂಡರು. ಉದ್ಯಮ್ ನೋಂದಣಿ, ಆಹಾರದ ಪರವಾನಗಿ, ಶೆಡ್ಡಿನ ಕರೆಂಟ್ ಬಿಲ್ಲು ಒಂದೊಂದಾಗಿ ಕೂಡಿದವು. ಪ್ಯಾನಿನಲ್ಲಿ ಫಕೀರಮ್ಮ, ಆಧಾರಿನಲ್ಲಿ ಫಕೀರವ್ವ ಇದ್ದದ್ದು ಈಗ ಕಣ್ಣಿಗೆ ಬಿದ್ದು ಇನ್ನೊಂದು ಸುತ್ತು ಅಲೆದಾಟವೂ ಆಯಿತು. ಆ ಚಳಿಗಾಲದಲ್ಲಿ ಆಕೆ ಹಗಲೆಲ್ಲ ವರ್ತಕರ ಅಂಗಳದಲ್ಲಿ ತೊಟ್ಟು ಮುರಿದು, ಸಂಜೆಯಿಂದ ತನ್ನ ಶೆಡ್ಡಿನಲ್ಲಿ ಖಾರ ಕುಟ್ಟಿದಳು. ಬಿಟ್ಟು ಬರಬೇಕೆಂದಿದ್ದ ಕೆಲಸವೇ ಶೆಟ್ರ ಕಂತು ಕಟ್ಟಿತು. ಒಮ್ಮೆ ಅಂಗಡಿಗೆ ಬಂದವಳು ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋದಳು. ನಾನು ಎಬ್ಬಿಸಲಿಲ್ಲ.

ಕಾರಹುಣ್ಣಿಮೆಗೆ ಮುಂಚೆ ಸಾಲ ಮಂಜೂರಾಯಿತು. ಕೇಳಿದ್ದಕ್ಕಿಂತ ಕಡಿಮೆ. ದುಡ್ಡು ಆಕೆಯ ಕೈಗೆ ಬರಲಿಲ್ಲ, ಬ್ಯಾಂಕಿನಿಂದ ನೇರ ಶೆಟ್ರ ಖಾತೆಗೆ ಹೋಯಿತು. ಮಷಿನ್ ಉಳಿಯಿತು. ಬೆಂಡೋಲೆ ಇನ್ನೂ ಅಡವಿನಲ್ಲೇ ಇದೆ. ಈ ಸಲ ಮಿರ್ಚಿ ತಿನ್ನುವ ಹುಮ್ಮಸ್ಸು ಇಬ್ಬರಿಗೂ ಇರಲಿಲ್ಲ.

ಮೊನ್ನೆ ದಸರೆಗೆ ಮೂರು ದಿನ ಮುಂಚೆ ಫಕೀರವ್ವ ಅಂಗಡಿಗೆ ಬಂದು, ಬ್ಯಾಂಕಿಗೆ ಬಾ ಅಂದಳು. ಕಂತು ತಪ್ಪಿತೇನೋ ಅಂತ ನನಗೆ ಭಯ. ಅಲ್ಲ. ಮ್ಯಾನೇಜರ ಮುಂದೆ ನಿಂತು, ಸೆರಗು ಹೊದ್ದು, ದನಿ ತಗ್ಗಿಸಿ ಕೇಳಿದಳು.

"ಮ್ಯಾಡಮ್ಮಾರ, ನಾಡದು ಖಂಡೇಪೂಜಿ. ಮಷಿನ್ನಿಗೆ ಕುಂಕುಮ ಹಚ್ಚಲೇನ್ರಿ? ಹಚ್ಚಿದ್ರ ಏನೂ ರದ್ದು ಆಗೂದಿಲ್ಲಲ್ರೀ?"

ತಮಾಷೆ ಅಂದುಕೊಂಡು ನಗಲು ಹೋದ ಮ್ಯಾನೇಜರು ಆಕೆಯ ಮುಖ ನೋಡಿ ಪೆನ್ನು ಕೆಳಗಿಟ್ಟರು.

"ಏನೂ ಆಗಲ್ಲ ಫಕೀರವ್ವ. ಧಾರಾಳವಾಗಿ ಪೂಜೆ ಮಾಡಿ."

ಆಕೆ ಕದಲಲಿಲ್ಲ. ಕೆಂಪು ಬೆರಳುಗಳಿಂದ ಮೇಜಿನ ಮೇಲಿದ್ದ ಖಾಲಿ ಹಾಳೆಯೊಂದನ್ನು ಅವರ ಕಡೆಗೆ ಸರಿಸಿದಳು.

"ಹಂಗಾರ ಅಷ್ಟು ಬರ್ದು ಕೊಡ್ರಿ. ನಿಮ್ಮ ಬ್ಯಾಂಕಿನ ಸಿಕ್ಕಾ ಹಾಕಿ."