ವಾಶ್ ಬೇಸಿನ್ ಕೆಳಗಿನ ಕಲೆ

ಸುಣ್ಣದ ಕಲ್ಲಿನ ಪುಡಿಗೆ ಆಸಿಡ್ ಹಾಕಿ ಅದು ನೊರೆಯುಕ್ಕುವುದನ್ನು ನೋಡುವುದು ನರಸಿಂಹನ ದಿನನಿತ್ಯದ ಕೆಲಸ. ಸಿಮೆಂಟ್ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಅವನು ಕೆಮಿಸ್ಟ್. ಗಣಿಯಿಂದ ಬಂದ ಕಲ್ಲಿನಲ್ಲಿ ಸುಣ್ಣದ ಅಂಶ ಎಷ್ಟಿದೆ ಎಂದು ಅಳೆದು ಬರೆದಿಡಬೇಕು. ಬರೆಯುವುದರಲ್ಲಿ ಅವನಿಗೆ ಬೇಸರವೇ ಇರಲಿಲ್ಲ. ಮನೆಗೆ ಹೊಸ ಮಿಕ್ಸರ್ ಬಂದರೂ ಅದರ ರಸೀದಿಯ ಹಿಂದೆ ಯಾವ ಅಂಗಡಿ, ಯಾವ ತಾರೀಖು, ಗ್ಯಾರಂಟಿ ಎಲ್ಲಿಯವರೆಗೆ ಎಂದು ಬರೆದು ಫೈಲಿಗೆ ಸೇರಿಸುತ್ತಿದ್ದ. ಈ ಗಂಡನ ಹೊಟ್ಟೆಗೆ ಅನ್ನ ಕಡಿಮೆಯಾದರೂ ನಡೆದೀತು, ಹಾಳೆ ಕಡಿಮೆಯಾಗಬಾರದು ಎಂದು ಹೆಂಡತಿ ಪ್ರಮಿತಾ ತಮಾಷೆ ಮಾಡುತ್ತಿದ್ದಳು.

ಸೇಡಂನಲ್ಲಿ ಅವರು ಬಾಡಿಗೆಗಿದ್ದದ್ದು ದಾನಮ್ಮನ ಫ್ಲ್ಯಾಟಿನಲ್ಲಿ. ದಾನಮ್ಮ ಕುರಕುಂಟಾದ ಒಕ್ಕಲುತನದ ಮನೆಯವಳು. ಗಂಡ ತೀರಿಕೊಂಡ ಮೇಲೆ ಮಗ ದೇವಾನಂದ ಸೇಡಂನಲ್ಲಿ ಗೊಬ್ಬರದ ಅಂಗಡಿ ಹಾಕಿದ. ತಾಯಿ-ಮಗ ಸೇರಿ ಅಂಗಡಿಯ ಹಿಂದಿನ ಜಾಗದಲ್ಲಿ ಮೂರಂತಸ್ತು ಕಟ್ಟಿಸಿದರು. ಕೆಳಗೆ ಅವರು, ಮೇಲೆ ಬಾಡಿಗೆದಾರರು. ನೆಲಕ್ಕೆಲ್ಲ ಶಹಾಬಾದ್ ಕಲ್ಲನ್ನೇ ಹಾಸಿ, ಕನ್ನಡಿಯಂತೆ ಹೊಳೆಯುವ ಹಾಗೆ ಪಾಲಿಶ್ ಮಾಡಿಸಿದ್ದಳು ದಾನಮ್ಮ. ಟೈಲ್ಸ್ ಹಾಕಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಿದರೆ, ಮನೆಯ ಪಕ್ಕದಲ್ಲೇ ಸಿಗುವ ಕಲ್ಲು ಬಿಟ್ಟು ಯಾವುದೋ ಊರಿನ ಮಣ್ಣಿಗೆ ಯಾಕೆ ದುಡ್ಡು ಕೊಡಬೇಕು ಎನ್ನುತ್ತಿದ್ದಳು.

ನರಸಿಂಹನಿಗೆ ವಾಡಿಯ ಕಾರ್ಖಾನೆಯಲ್ಲಿ ಹೆಚ್ಚಿನ ಸಂಬಳದ ಕೆಲಸ ಸಿಕ್ಕಿತು. ಕರಾರು ಪತ್ರದಲ್ಲಿ ಇದ್ದಂತೆ ಒಂದು ತಿಂಗಳು ಮುಂಚೆಯೇ, ಮನೆ ಬಿಡುವುದಾಗಿ ಬಾಯಿಮಾತಿನಲ್ಲಿ ಹೇಳಿದ್ದಲ್ಲದೆ, ಬರೆದೂ ಕೊಟ್ಟ. ಬಿಡುವ ದಿನ ಬೆಳಿಗ್ಗೆ ದೇವಾನಂದನನ್ನು ಮೇಲೆ ಕರೆದು ಒಂದೊಂದೇ ಕೋಣೆ ತೋರಿಸಿದ. ಒಳಗೆ ಬಂದಾಗ ಹೇಗಿತ್ತು, ಈಗ ಹೇಗಿದೆ ಎಂದು ಎರಡು ಕಾಲಂ ಮಾಡಿ ಬರೆದ. ಗೋಡೆಯ ಬಣ್ಣ ಮಾಸಿದೆ. ಅಡುಗೆಮನೆಯ ನಲ್ಲಿ ಹೊಸದು ಹಾಕಿಸಿದ್ದು ಬಾಡಿಗೆದಾರ. ಫ್ಯಾನು, ಸ್ವಿಚ್ಚು ಎಲ್ಲ ನಡೆಯುತ್ತಿವೆ. ಕರೆಂಟ್ ಮೀಟರಿನಲ್ಲಿ ಇಂದು ಇಷ್ಟು. ಪ್ರಮಿತಾ ಪ್ರತಿ ಕೋಣೆಯ ಫೋಟೊ ತೆಗೆದಳು. ಹಾಲಿನ ಮೂಲೆಯಲ್ಲಿ ವಾಶ್ ಬೇಸಿನ್ ಕೆಳಗೆ ಬೋರ್ ನೀರಿನ ಉಪ್ಪು ಕಟ್ಟಿ ಬೆರಳಗಲದ ಬಿಳಿ ಗೆರೆಯಾಗಿತ್ತು. ಅದನ್ನೂ ನರಸಿಂಹ ಬರೆದ. ಇದೆಲ್ಲ ವಾಸ ಮಾಡಿದ ಮೇಲೆ ಸಹಜವಾಗಿ ಆಗುವಂಥದ್ದು, ಇದಕ್ಕೆಲ್ಲ ಹಣ ಹಿಡಿಯುವುದಿಲ್ಲ ಎಂದು ದೇವಾನಂದ ನಕ್ಕು ಸಹಿ ಹಾಕಿದ. ಜೆಸ್ಕಾಂನ ಕೊನೆಯ ಕರೆಂಟ್ ಬಿಲ್ಲು ಬಂದ ಮೇಲೆ ಅದನ್ನು ಕಳೆದು ಮೂವತ್ತು ಸಾವಿರದ ಡಿಪಾಸಿಟ್ ಕೊಡುವುದೆಂದು ಮಾತಾಯಿತು. ಸಾಮಾನು ಇನ್ನೂ ಇದ್ದುದರಿಂದ ಕೀಲಿ ಸಂಜೆಯವರೆಗೆ ನರಸಿಂಹನ ಬಳಿಯೇ ಉಳಿಯಿತು.

ಗಾಡಿಯ ಜೊತೆ ಪ್ರಮಿತಾ ಹೊರಟುಹೋದಳು. ಖಾಲಿ ಫ್ಲ್ಯಾಟಿನಲ್ಲಿ ಅವನೊಬ್ಬನೇ. ಕಸ ಗುಡಿಸಿ, ನೆಲ ಒರೆಸಿ, ಬಾಗಿಲಿಗೆ ಬಂದವನು ಹಿಂತಿರುಗಿ ನೋಡಿದ. ಅಷ್ಟು ಚೆಂದದ ನೆಲದಲ್ಲಿ ಆ ಬಿಳಿ ಗೆರೆಯೊಂದೇ ಕಣ್ಣಿಗೆ ಹೊಡೆಯುತ್ತಿತ್ತು. ತಾನು ಬರೆದ ಎರಡು ಪುಟದಲ್ಲಿ ಕುಂದು ಎಂದು ಇದ್ದದ್ದೂ ಅದೊಂದೇ. ಬಚ್ಚಲಲ್ಲಿ ಅರ್ಧ ಬಾಟಲಿ ಆಸಿಡ್ ಉಳಿದಿತ್ತು. ಉಪ್ಪು ಕರಗಿಸಲು ಅದಕ್ಕಿಂತ ಸುಲಭದ್ದು ಯಾವುದು?

ಸುರಿದ ಕ್ಷಣವೇ ನೊರೆ ಎದ್ದಿತು. ಆ ನೊರೆಯನ್ನು ಅವನು ಎಷ್ಟು ಸಾವಿರ ಸಲ ನೋಡಿದ್ದಾನೋ! ಗೆರೆಯೂ ಸುಣ್ಣ, ಅದರ ಕೆಳಗಿನ ಕಲ್ಲೂ ಸುಣ್ಣ. ಆಸಿಡ್ಡಿಗೆ ಎರಡೂ ಒಂದೇ. ನೆಲದ ಇಳಿಜಾರಿಗೆ ಅದು ಹಾಲಿನ ನಡುವಿನ ಕಡೆ ಹರಿಯಿತು. ಬಕೆಟ್ ಬಕೆಟ್ ನೀರು ಹೊಯ್ದ. ಒದ್ದೆಯಾದ ಕಲ್ಲು ಮೊದಲಿನಂತೆಯೇ ಕಪ್ಪಗೆ ಹೊಳೆಯಿತು. ಏನೂ ಆಗಿಲ್ಲ ಎಂದುಕೊಂಡ. ಒಣಗುವವರೆಗೆ ನಿಂತು ನೋಡಲಿಲ್ಲ. ಒಣಗಿದ ಮೇಲೆ ಏನು ಕಾಣುತ್ತದೆಂದು ಗೊತ್ತಿದ್ದುದರಿಂದಲೇ ನಿಲ್ಲಲಿಲ್ಲ. ಅಂಗಡಿಗೆ ಹೋಗಿ ದೇವಾನಂದನ ಕೈಗೆ ಕೀಲಿ ಕೊಟ್ಟ. ಚಹಾ ಕುಡಿದು ಹೋಗಿರೆಂದರೆ ರೈಲಿಗೆ ಹೊತ್ತಾಯಿತೆಂದ.

ವಾಡಿಯಲ್ಲಿ ಹೊಸ ಮನೆಯವರಿಗೆ ಅರ್ಧ ಡಿಪಾಸಿಟ್ ಮಾತ್ರ ಕೊಟ್ಟಿದ್ದರು. ಉಳಿದದ್ದು ಸೇಡಂನಿಂದ ಹಣ ಬಂದಾಗ ಕೊಡಬೇಕಿತ್ತು. ದಿನ ಕಳೆದವು. ಫೋನು ಮಾಡಿರಿ ಎಂದು ಪ್ರಮಿತಾ ನೆನಪಿಸಿದಳು, ಆಮೇಲೆ ಒತ್ತಾಯಿಸಿದಳು. ಗಂಡನಿಗೆ ದುಡ್ಡು ಕೇಳಲು ನಾಚಿಕೆ ಎಂದುಕೊಂಡಳು. ಆಕೆ ಹಾಗೆ ತಿಳಿದದ್ದೇ ಒಳ್ಳೆಯದಾಯಿತೆಂದು ಅವನು ಸುಮ್ಮನಿದ್ದ. ಕಡೆಗೊಂದು ದಿನ ಅವಳೇ ಅವನ ಫೋನು ತೆಗೆದುಕೊಂಡು ದೇವಾನಂದನಿಗೆ ಬರೆದಳು: ಇಂಥ ತಾರೀಖಿಗೆ ಮನೆ ಬಿಟ್ಟಿದ್ದೇವೆ, ಕೀಲಿ ಒಪ್ಪಿಸಿದ್ದೇವೆ, ಬಾಡಿಗೆ ಬಾಕಿ ಇಲ್ಲ, ಇಬ್ಬರೂ ಸಹಿ ಮಾಡಿದ ಹಾಳೆ, ಫೋಟೊ, ಬ್ಯಾಂಕ್ ಖಾತೆಯ ವಿವರ ಜೊತೆಗಿವೆ, ಕರೆಂಟ್ ಬಿಲ್ಲು ಕಳೆದು ಉಳಿದದ್ದನ್ನು ದಯವಿಟ್ಟು ಹಾಕಿರಿ. ಒಂದೂ ತಪ್ಪಿಲ್ಲದ ಪತ್ರ. ಕೊನೆಗೆ ಅವನ ಹೆಸರು. ಓದಿದ ನರಸಿಂಹ ಫೋನನ್ನು ಬೋರಲು ಹಾಕಿದ.

ಬಿಲ್ಲು ಬಂದಿದೆ, ಭಾನುವಾರ ಬನ್ನಿ, ಅವ್ವ ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕಂತೆ ಎಂದು ಉತ್ತರ ಬಂತು.

ಚಿತ್ತಾಪುರ ದಾಟಿ ಸೇಡಂ ಬರುವವರೆಗೂ ನರಸಿಂಹ ಪ್ಯಾಸೆಂಜರ್ ರೈಲಿನ ಬಾಗಿಲಲ್ಲೇ ನಿಂತಿದ್ದ. ಕಲೆ ಅವರ ಕಣ್ಣಿಗೆ ಬಿದ್ದಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಕೇಳಿದರೆ ಒಪ್ಪಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲಿ ಹೇಳಿಕೊಂಡ. ಕೇಳದಿದ್ದರೆ ಏನು ಮಾಡುತ್ತೇನೆ ಎಂಬುದನ್ನು ಮಾತ್ರ ತನಗೆ ತಾನೇ ಹೇಳಿಕೊಳ್ಳಲಿಲ್ಲ.

ಅವರು ಕೇಳಲಿಲ್ಲ. ದಾನಮ್ಮ ಕುರ್ಚಿ ಹಾಕಿಸಿ, ಅವಲಕ್ಕಿ ಚೂಡಾ, ಚಹಾ ತರಿಸಿ, ಅವನು ಬರೆದುಕೊಟ್ಟ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಅವಳಿಗೆ ಓದು ಬಾರದು. ದೇವಾನಂದನಿಂದ ಎರಡು ಸಲ ಓದಿಸಿ ಕೇಳಿದ್ದಳು. ಇಷ್ಟು ವರ್ಷದಲ್ಲಿ ಇಷ್ಟು ನೆಟ್ಟಗೆ ಮನೆ ಬಿಟ್ಟವರನ್ನು ನೋಡಿಲ್ಲ ಎಂದಳು. ಆಮೇಲೆ ಮಾತಿಗೆ ಬಂದಳು. ಮೇಲಿನ ಮನೆಗೆ ಮರುದಿನವೇ ಹೊಸ ಬಾಡಿಗೆದಾರಳು ಬಂದಿದ್ದಾಳೆ. ನಾಜಿಯಾ ಅಂತ, ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ಬಂದು ಎರಡು ದಿನಕ್ಕೆ ಹಾಲಿನ ಕಲ್ಲು ಹಾಳು ಮಾಡಿಟ್ಟಿದ್ದಾಳೆ. ಕೇಳಿದರೆ ತಾನು ಬರುವಾಗಲೇ ಹಾಗಿತ್ತು ಎನ್ನುತ್ತಾಳೆ.

"ಆಸ್ಪತ್ರಿ ಔಷಧ ತಂದು ನೆಲ ತೊಳದಾಳ ಕಾಣ್ತದ ಆಚಾರ್ರ," ಎಂದಳು ನರಸಿಂಹನನ್ನು ಮೊದಲಿನಿಂದಲೂ ಆಚಾರ್ರೆಂದೇ ಕರೆಯುತ್ತಿದ್ದ ದಾನಮ್ಮ. "ಆಕಿ ಡಿಪಾಸಿಟ್‌ನಾಗ ಹಿಡೀತೀನಿ ಅಂತ ಹೇಳೀನಿ. ನಿಮ್ಮ ಕಾಗದ ಐತಲ್ಲ ನನ್ನ ಕೈಯಾಗ. ಆಕೀನ್ನ ಕರೀತೀನಿ, ನೀವ ಒಂದು ಮಾತು ಹೇಳಿಬಿಡ್ರಿ. ನಿಮ್ಮ ಮಾತಿಗಿ ಎದುರು ಯಾರು ಮಾತಾಡ್ತಾರ?"

ನರಸಿಂಹ ಚಹಾದ ಬಟ್ಟಲನ್ನು ಕೆಳಗಿಟ್ಟ. ಹಾಳೆಯಲ್ಲಿ ಸುಳ್ಳಿರಲಿಲ್ಲ. ಮನೆ ಬಿಟ್ಟ ದಿನ ಬೆಳಿಗ್ಗೆ ಬರೆದದ್ದು ಆ ಬೆಳಿಗ್ಗೆಗೆ ನಿಜವೇ ಆಗಿತ್ತು.

ನಾಜಿಯಾ ಇಳಿದು ಬಂದಳು. ರಾತ್ರಿ ಪಾಳಿ ಮುಗಿಸಿ ಬಂದ ಕಣ್ಣು. ಕುಳಿತುಕೊಳ್ಳೆಂದರೂ ಕುಳಿತುಕೊಳ್ಳಲಿಲ್ಲ. ಅವಳಿಗೆ ಯಾರೂ ಹಾಳೆ ಬರೆದುಕೊಟ್ಟಿರಲಿಲ್ಲ. ಹಿಂದಿನವರದೇ ಇದೆಯಲ್ಲ ಎಂದು ದೇವಾನಂದ ಕೀಲಿ ಕೊಟ್ಟುಬಿಟ್ಟಿದ್ದ. ಅವಳು ನರಸಿಂಹನತ್ತ ತಿರುಗಿ, ಜಗಳದ ದನಿಯಿಲ್ಲದೆ ಕೇಳಿದಳು:

"ಸರ್, ನಾ ಆಂಟೀಗಿ ಭಾಳ ಸರ್ತಿ ಹೇಳೀನ್ರಿ. ನಾ ಬಂದ ದಿನಾನ ಅಲ್ಲಿ ಬೆಳ್ಳಗ ಇತ್ತು. ಸಾಮಾನು ಇಳಸೂ ಗಡಿಬಿಡಿಯಾಗ ಫೋಟೊ ತಗೀಲಿಲ್ಲ, ಅದೊಂದ ನನ್ನ ತಪ್ಪು. ನೀವು ಬಿಟ್ಟಾಗ ಇರಲಿಲ್ಲೇನ್ರಿ?"

ಇರಲಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳ ಮೂರು ತಿಂಗಳ ಬಾಡಿಗೆಯಷ್ಟು ಹಣ ದಾನಮ್ಮನ ಬಳಿ ಇತ್ತು; ಅದರಲ್ಲಿ ಕಲ್ಲಿನ ಖರ್ಚು ಹೋಗುತ್ತಿತ್ತು, ಇವನ ಪೂರ್ತಿ ಮೊತ್ತ ಇವನ ಖಾತೆಗೆ ಬರುತ್ತಿತ್ತು. ದೇವಾನಂದ ಆಗಲೇ ಫೋನಿನಲ್ಲಿ ಹಣ ಕಳಿಸಲು ತಯಾರಾಗಿದ್ದ. ದಾನಮ್ಮ ಹೆಮ್ಮೆಯಿಂದ ಅವನನ್ನೇ ನೋಡುತ್ತಿದ್ದಳು. ಆ ಹೆಮ್ಮೆಯನ್ನು ಅವನಿಂದ ತಾಳಲಾಗಲಿಲ್ಲ.

"ಅದು ನಂದ್ರಿ," ಎಂದ ನರಸಿಂಹ. "ಸಹಿ ಆದ ಮ್ಯಾಲೆ ನಾನ ಆಸಿಡ್ ಸುರದೀನಿ. ಸಂಜಿಗಿ ಕೀಲಿ ಕೊಟ್ಟಾಗ ಹೇಳಲಿಲ್ಲ."

ಅಂಗಡಿಯ ಕಡೆಯಿಂದ ಗೊಬ್ಬರದ ಚೀಲ ಎತ್ತಿಹಾಕುವ ಸದ್ದು ಕೇಳುತ್ತಿತ್ತು. ದಾನಮ್ಮ ಹಾಳೆಯನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು.

"ಹಂಗಾದ್ರ ಆಚಾರ್ರ, ದಿನಾ ಬೆಳಗಾದ್ರ ಕಲ್ಲು ಕರಗಸೂ ಕೆಲಸ ಮಾಡ್ತೀರಿ. ಇದು ಕಲ್ಲಂತ ನಿಮಗ ಗೊತ್ತಿರಲಿಲ್ಲೇನು?"

"ಗೊತ್ತಿತ್ರಿ, ಅವ್ವ."

"ಗೊತ್ತಿದ್ದೂ ಸುರದ್ರಿ. ಸುರದು ಸುಮ್ಕ ಹೋದ್ರಿ. ನಾ ಈ ಹುಡುಗಿ ಬಾಯಿಗಿ ಬಂದಂಗ ಅಂದೀನಿ ಹದಿನೈದು ದಿನ."

ಕ್ಷಮೆ ಕೇಳಬೇಕೆಂದುಕೊಂಡ, ದಾನಮ್ಮನನ್ನು ಕೇಳುವುದೋ ನಾಜಿಯಾಳನ್ನೋ ಗೊತ್ತಾಗದೆ ನೆಲ ನೋಡುತ್ತ ಕುಳಿತ. ಆ ನೆಲವೂ ಶಹಾಬಾದ್ ಕಲ್ಲೇ, ಪಾಲಿಶ್ ಮಾಸದ್ದು.

ಮುಜುಗರ ತಪ್ಪಿಸಿದವನು ದೇವಾನಂದ. ಬೇರೆ ಕಲ್ಲು ಹಾಕಬೇಕಾಗಿಲ್ಲ, ಮಷಿನ್ ಹಚ್ಚಿ ಆ ಮೂಲೆಯನ್ನು ಮತ್ತೆ ಪಾಲಿಶ್ ಮಾಡಿಸಿದರೆ ಸಾಕು ಎಂದು ಹೇಳಿ, ಪಾಲಿಶ್ ಮಾಡುವವನಿಗೆ ಫೋನು ಹಚ್ಚಿದ. ಅಳತೆ ಬೇಕೆಂದ ಆ ಮನುಷ್ಯ. ಎಲ್ಲರೂ ಮೇಲೆ ಹತ್ತಿದರು. ಬೇಸಿನ್ ಕೆಳಗಿನಿಂದ ಹಾಲಿನ ನಡುವಿನವರೆಗೆ ಮೊರದಗಲದ ಬೂದಿಬಿಳಿ ಬಣ್ಣದ ಕಲೆ, ನಾಲಿಗೆಯಂತೆ ಚಾಚಿಕೊಂಡಿತ್ತು. ಒಣಗಿದ್ದನ್ನು ನರಸಿಂಹ ನೋಡಿದ್ದು ಅದೇ ಮೊದಲು. ನಾಜಿಯಾ ಅದರ ಮೇಲೆ ಚಾಪೆ ಹಾಸಿ, ಚಾಪೆಯ ಮೇಲೆ ಹೊಲಿಗೆ ಯಂತ್ರ ಇಟ್ಟಿದ್ದಳು. ಅದನ್ನು ಅವಳೇ ಸರಿಸಿದಳು. ಸಹಾಯಕ್ಕೆ ಬಗ್ಗಿದ ನರಸಿಂಹನಿಗೆ ಬೇಡವೆಂದು ಕೈ ಅಡ್ಡ ಹಿಡಿದಳು.

ಪಾಲಿಶ್ ಮಾಡುವವನು ಹೇಳಿದ ಖರ್ಚನ್ನಷ್ಟೇ ಹಿಡಿಯುವುದೆಂದು ದೇವಾನಂದ ಹೇಳಿದ. ಗೋಡೆಯ ಬಣ್ಣಕ್ಕೂ ಸ್ವಲ್ಪ ಹಿಡಿ ಎಂದು ದಾನಮ್ಮ ಸಿಟ್ಟಿನಲ್ಲಿ ಅಂದಳು. ಅದು ವಾಸದ ಸವೆತ, ಅದಕ್ಕೆ ಹಿಡಿಯುವಂತಿಲ್ಲ ಎಂದು ಮಗ ಒಪ್ಪಲಿಲ್ಲ. ಹಳೆಯ ಹಾಳೆಯ ಕೆಳಗೆ ನರಸಿಂಹ ಹೊಸ ತಾರೀಖು ಹಾಕಿ ಬರೆದ: ಸಹಿಯಾದ ನಂತರ, ಕೀಲಿ ಕೊಡುವ ಮುನ್ನ, ಹಾಲಿನ ನೆಲಕ್ಕೆ ಆಸಿಡ್ ಬಿದ್ದು ಹಾನಿಯಾಗಿದೆ, ಅದು ನನ್ನಿಂದ ಆದದ್ದು. ಪಾಲಿಶ್ ಖರ್ಚು, ಕರೆಂಟ್ ಬಿಲ್ಲು ಕಳೆದು ಉಳಿದ ಡಿಪಾಸಿಟ್ ಪಡೆದಿದ್ದೇನೆ. ಖರ್ಚಿನ ರಸೀದಿಯನ್ನು ಮನೆಯವರು ಕಳಿಸತಕ್ಕದ್ದು. ಫೋನಿನಲ್ಲಿ ಹಣ ಬಂದ ಮೇಲೆ ಇಬ್ಬರೂ ಸಹಿ ಮಾಡಿದರು. ವಾಡಿಯ ಮನೆಯವರಿಗೆ ಕೊಡಬೇಕಾದದ್ದರಲ್ಲಿ ಎಷ್ಟು ಕಡಿಮೆ ಬೀಳುತ್ತದೆಂದು ಅವನು ಲೆಕ್ಕ ಹಾಕಲಿಲ್ಲ. ಪ್ರಮಿತಾಗೆ ಯಾವ ಮಾತಿನಿಂದ ಶುರುಮಾಡಬೇಕು ಎಂಬುದೇ ತಲೆಯಲ್ಲಿತ್ತು.

ಹೊರಡಲು ಎದ್ದಾಗ ನಾಜಿಯಾ ಒಂದು ಬಿಳಿ ಹಾಳೆ ತಂದು ಅವನ ಮುಂದಿಟ್ಟಳು.

"ನಂದೂ ಒಂದು ಬರೀರಿ ಸರ್. ನೀವ ಬರದ್ರ ಆಂಟೀಗಿ ನಂಬಿಗಿ ಬರ್ತದ."

ಕುಹಕವೋ ಅಲ್ಲವೋ ಅವಳ ಮುಖದಿಂದ ತಿಳಿಯಲಿಲ್ಲ. ನರಸಿಂಹ ಮತ್ತೆ ಕುಳಿತು, ಅವಳು ಒಳಗೆ ಬಂದಾಗ ಇದ್ದಂತೆ ಒಂದೊಂದೇ ಕೋಣೆ ಬರೆದ. ಅವಳು ಹೇಳುತ್ತ ಹೋದಳು, ದೇವಾನಂದ ಹೂಂಗುಟ್ಟುತ್ತ ಬಂದ. ಹಾಲಿಗೆ ಬಂದಾಗ ನರಸಿಂಹ, ನೆಲದಲ್ಲಿ ಹಿಂದಿನ ಬಾಡಿಗೆದಾರರಿಂದಾದ ಸಣ್ಣ ಕಲೆ, ಎಂದು ಬರೆದ. ಬಗ್ಗಿ ಓದಿದ ನಾಜಿಯಾ ಒಂದು ಪದದ ಮೇಲೆ ಬೆರಳಿಟ್ಟಳು. ಅವನು 'ಸಣ್ಣ' ಎಂಬುದನ್ನು ಹೊಡೆದುಹಾಕಿದ. ಟೇಪು ತರಿಸಿ ಮಂಡಿಯೂರಿ ಕಲೆಯ ಉದ್ದ ಅಗಲ ಅಳೆದು, ಆ ಅಳತೆಯನ್ನು ಮೇಲೆ ಬರೆದು, ತಿದ್ದಿದ ಜಾಗದಲ್ಲಿ ಸಹಿ ಹಾಕಿದ.