ಅಕ್ಕ ಹೊಲಿದ ಅಂಚು

ಅಕ್ಕ ಒಂದು ಗೇಣಿನ ಪುಟ್ಟ ಕೌದಿ ಹೊಲಿದು, ಎರಡೂ ತುದಿಗೆ ಕಪ್ಪು ಅಂಚು ಹಚ್ಚಿ ನನ್ನ ಕೈಗೆ ಕೊಟ್ಟಿದ್ದಳು. ಮಗ್ ಮೇಲೆ ಅಚ್ಚಾಗುವ ಚಿತ್ರದಿಂದ ಆ ಅಂಚನ್ನು ಕತ್ತರಿಸಿ ಹಾಕಿದವನು ನಾನು. ಅದರಿಂದ ನಲವತ್ತೆರಡು ಮಗ್ ಕೆಟ್ಟವು. ಕೆಡಿಸಿದವನು ನಾನೇ ಎಂದು ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ. ಅಳತೆ ಅಕ್ಕನದು ತಪ್ಪಿದೆ ಎಂದೆ. ಒಂದು ಸಲವಲ್ಲ, ಎರಡು ಸಲ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಯಾದಗಿರಿಯ ಒಂದು ಫೋಟೊ ಸ್ಟುಡಿಯೊದಲ್ಲಿ ಕೆಲಸ ಕಲಿತು, ಆಮೇಲೆ ಶಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ಇಟ್ಟೆ. ಝೆರಾಕ್ಸ್, ಪಾಸ್‌ಪೋರ್ಟ್ ಫೋಟೊ, ಮಗ್ ಮೇಲೆ ಚಿತ್ರ ಕೂಡಿಸುವುದು. ಬರೆಯುವುದರಲ್ಲಿ ನಾನು ತಡವರಿಸುತ್ತೇನೆ, ಮಗ್ಗಿನ ವಿಷಯದಲ್ಲಿ ಇಲ್ಲ. ಈ ಸೀಮೆಯಲ್ಲಿ ಆ ಕೆಲಸವನ್ನು ನನ್ನಷ್ಟು ಅಚ್ಚುಕಟ್ಟಾಗಿ ಮಾಡುವವರು ಕಡಿಮೆ. ಈಗಲೂ ಹಾಗೆಯೇ ಹೇಳುತ್ತೇನೆ.

ಮಗ್ ಗುಂಡಗಿದ್ದರೂ ಅದಕ್ಕೆ ಒಂದು ಆರಂಭ, ಒಂದು ಕೊನೆ ಇರುತ್ತದೆ. ಎರಡೂ ಹಿಡಿಕೆಯ ಹತ್ತಿರ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕಾಗದದ ಮೇಲೆ ಪ್ರಿಂಟ್ ತೆಗೆಯಬೇಕು. ಕಾಗದವನ್ನು ಮಗ್ಗಿಗೆ ಬಿಗಿಯಾಗಿ ಸುತ್ತಿ, ಹಿಡಿಕೆಯ ಎರಡೂ ಬದಿಗೆ ಸಮನಾಗಿ ಜಾಗ ಬಿಟ್ಟು, ಶಾಖ ತಡೆಯುವ ಟೇಪ್ ಅಂಟಿಸಬೇಕು. ಕೂದಲೆಳೆಯಷ್ಟು ಸಡಿಲವಾದರೂ ಚಿತ್ರಕ್ಕೆ ನೆರಳು ಬೀಳುತ್ತದೆ. ಆಮೇಲೆ ಮಷಿನ್ನಿನ ಬಿಸಿ ಪಟ್ಟಿ ಮಗ್ಗನ್ನು ಅಪ್ಪಿಕೊಳ್ಳುತ್ತದೆ. ಆದರೆ ಹಿಡಿಕೆ ಹೊರಗೆ ಚಾಚಿರುವುದರಿಂದ ಪಟ್ಟಿ ಪೂರ್ತಿ ಸುತ್ತು ಬರುವುದಿಲ್ಲ. ಹಿಡಿಕೆಯ ಬುಡದಲ್ಲಿ ಆಚೆ ಈಚೆ ಹೆಬ್ಬೆರಳಿನಷ್ಟು ಬಿಳಿ ಉಳಿದೇ ಉಳಿಯುತ್ತದೆ. ಮೇಲಿನ ಬಾಯಿಗೂ ಕೆಳಗಿನ ಅಂಚಿಗೂ ಒತ್ತಡ ಸರಿಯಾಗಿ ಸಿಗುವುದಿಲ್ಲ, ಅಲ್ಲಿ ಬಣ್ಣ ಮಸುಕಾಗುತ್ತದೆ. ಬಲಗೈಯಲ್ಲಿ ಹಿಡಿದು ಚಹಾ ಕುಡಿಯುವವರಿಗೆ ಕಾಣುವುದು ಚಿತ್ರದ ಬಲ ಅರ್ಧ, ಎದುರು ಕುಳಿತವರಿಗೆ ಎಡ ಅರ್ಧ. ಇದೆಲ್ಲ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಗೊತ್ತಿದ್ದೂ ಕೆಡಿಸಿದೆ.

ಆ ವರ್ಷ ಯಾದಗಿರಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಮೇಡಂ ನನ್ನ ಅಂಗಡಿಗೆ ಬಂದರು. ಹತ್ತನೆಯ ತರಗತಿ ಮುಗಿಸಿ ಹೋಗುವ ಹುಡುಗಿಯರಿಗೆ ಒಂದೊಂದು ಮಗ್ ಕೊಡಬೇಕು, ಮೇಲೆ ನಮ್ಮ ಕಡೆಯದೇ ಆದ ಚಿತ್ರ ಇರಬೇಕು ಎಂದರು. ಅಂಗಡಿಯ ಬೆಂಚಿನ ಮೇಲೆ ಅಕ್ಕ ಹೊಲಿದ ಕೌದಿ ಹಾಸಿತ್ತು. ಮೇಡಂ ಅದರ ಮೇಲೆ ಕುಳಿತವರು ಎದ್ದು ನಿಂತು ಅದನ್ನೇ ನೋಡಿದರು.

"ಇದನ್ನ ಯಾರು ಹೊಲದಾರ್ರಿ?"

"ನಮ್ಮ ಅಕ್ಕರಿ. ಸುರಪುರದಾಗ ಇರ್ತಾಳ. ಹಳಿ ಸೀರಿ, ಧೋತ್ರ ಏನ್ ಕೊಟ್ರೂ ಕೌದಿ ಮಾಡ್ತಾಳ್ರಿ."

"ಇದೇ ಚಿತ್ರ ಹಾಕ್ರಿ ಮತ್ತ. ಮಗ್ ಚಂದ ಬಂದ್ವಂದ್ರ ನಿಮ್ಮ ಅಕ್ಕನ್ನ ನಮ್ಮ ಹಾಸ್ಟೆಲಿಗೆ ಕರಸ್ತೀನಿ. ಪ್ರತಿ ಐತವಾರ ಹುಡುಗ್ಯಾರಿಗೆ ಕಲಿಸ್ಲಿ."

ಈ ಮಾತನ್ನು ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ನಾನೂ ಅವಳೂ ಒಂದೇ ವರ್ಷ ಶಾಲೆ ಬಿಟ್ಟವರು. ನನಗಾದರೂ ಓದು ತಲೆಗೆ ಹತ್ತುತ್ತಿರಲಿಲ್ಲ, ಅವಳನ್ನು ಮನೆಗೆಲಸಕ್ಕೆಂದು ಬಿಡಿಸಿದ್ದರು. ಟೀಚರ್ ಆಗಬೇಕೆಂದು ಗೋಡೆಗೆ ಇದ್ದಿಲಿನಲ್ಲಿ ಬರೆದು, ನನ್ನನ್ನು ಕೂಡಿಸಿಕೊಂಡು ಪಾಠ ಹೇಳುತ್ತಿದ್ದ ಹುಡುಗಿ.

"ನಾ ಕಲಿಸಬೇಕಾ?" ಎಂದಳು. "ಹುಡುಗ್ಯಾರು ನನಗ ಟೀಚರ್ ಅಂತಾರನು?"

"ಅಂತಾರ. ಮೊದಲ ಚಿತ್ರ ಕೊಡು."

"ಖಾಲಿ ಮಗ್ ಒಂದು ಕಳಿಸು ತಮ್ಮಾ. ಕೈಯಾಗ ಹಿಡಿದು ನೋಡಲಾರದ ಹೊಲಿಯಂಗಿಲ್ಲ."

ಸುರಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮಗ್ ಕಳಿಸಿದೆ. ವಾರಕ್ಕೆ ಅವಳೇ ಬಂದಳು. ಕಾಗದದ ಮೇಲೆ ಚಿತ್ರ ಬರೆದಿರುತ್ತಾಳೆ ಎಂದುಕೊಂಡಿದ್ದೆ, ಅವಳು ನಿಜವಾದ ಕೌದಿಯನ್ನೇ ತಂದಿದ್ದಳು. ಒಂದು ಗೇಣು ಉದ್ದ, ನಾಲ್ಕು ಬೆರಳು ಅಗಲ. ಕೆಂಪು, ಹಳದಿ, ಹಸಿರು ಚೌಕ ತುಂಡುಗಳ ಮೂರು ಸಾಲು, ಮೇಲೆ ಕೆಳಗೆ ಸೀರೆಯ ದಡಿಯಂಥ ಸಣ್ಣ ಕರೆ, ಎಡಕ್ಕೆ ಬಲಕ್ಕೆ ಬೆರಳಗಲದ ಕಪ್ಪು ಅಂಚು. ಮಗ್ಗಿಗೆ ದಾರ ಸುತ್ತಿ, ಹಿಡಿಕೆಯ ಜಾಗ ಕಳೆದು ಅಳತೆ ಹಿಡಿದಿದ್ದಳು. ಅದನ್ನು ಹಾಗೆಯೇ ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿದೆ. ಹೊಲಿಗೆಯ ಒಂದೊಂದು ಎಳೆಯೂ ಪರದೆಯ ಮೇಲೆ ಎದ್ದು ಕಂಡಿತು.

"ಅಂಚು ಯಾಕ ಇಷ್ಟು ದಪ್ಪ ಇಟ್ಟಿ?" ಎಂದೆ.

"ಬಟ್ಟಿ ಎಲ್ಲಿ ಮುಗಿತದೋ ಅಲ್ಲಿ ಅಂಚು ಬೇಕಪ್ಪ. ಇಲ್ಲಂದ್ರ ಹರದಂಗ ಕಾಣ್ತದ."

ನಾನು ನಕ್ಕೆ. ಅವಳು ಬಸ್ ಹತ್ತಿದ ಮೇಲೆ ಪರದೆಯ ಮುಂದೆ ಕುಳಿತೆ. ಕಪ್ಪು ಅಂಚು ನನಗೆ ಯಾರೋ ಸತ್ತ ಸುದ್ದಿಯ ಕಾರ್ಡಿನಂತೆ ಕಂಡಿತು. ಬಣ್ಣ ಹೆಚ್ಚು ಕಂಡರೆ ಹುಡುಗಿಯರಿಗೆ ಇಷ್ಟವಾಗುತ್ತದೆ ಎಂದುಕೊಂಡೆ. ಎರಡೂ ಅಂಚು ಕತ್ತರಿಸಿದೆ. ಉಳಿದದ್ದನ್ನು ಹಿಡಿಕೆಯಿಂದ ಹಿಡಿಕೆಗೆ ತುಂಬುವಂತೆ ಹಿಗ್ಗಿಸಿದೆ. ಉದ್ದ ಹಿಗ್ಗಿದಾಗ ಎತ್ತರವೂ ಹಿಗ್ಗಿತು, ಮೇಲಿನ ಕೆಳಗಿನ ಕರೆ ಮಗ್ಗಿನ ತೀರ ತುದಿಗೆ ಹೋಯಿತು. ಚೌಕಗಳು ಇನ್ನೂ ದೊಡ್ಡದಾಗಿ ಕಾಣಲಿ ಎಂದು ಮತ್ತೊಂದಿಷ್ಟು ಎಳೆದೆ, ಎರಡೂ ಕೊನೆಯ ಚೌಕಗಳು ಅರ್ಧಕ್ಕೆ ನಿಂತವು. ಚಪ್ಪಟೆ ಪರದೆಯ ಮೇಲೆ ಅದು ಚಂದವೇ ಇತ್ತು. ಯಾವಾಗಲೂ ಒಂದು ಮಗ್ ಮಾಡಿ, ತಣ್ಣಗಾದ ಮೇಲೆ ತಿರುಗಿಸಿ ನೋಡಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕುವವನು ನಾನು. ಆ ಸಲ ನೋಡಲಿಲ್ಲ. ಮರುದಿನ ಬೆಳಿಗ್ಗೆ ಹಿಡಿದ ಕೆಲಸ ಸಂಜೆಯ ಹೊತ್ತಿಗೆ ಮುಗಿಸಿದೆ.

ಮಾರನೆಯ ದಿನ ಮೇಡಂ ಬಂದು ಒಂದನ್ನು ಎತ್ತಿಕೊಂಡು ಮೆಲ್ಲಗೆ ತಿರುಗಿಸಿದರು. ಮುಂದಿನ ಭಾಗಕ್ಕೆ ಮುಖ ಅರಳಿತು. ಹಿಡಿಕೆಯ ಹತ್ತಿರ ಬಂದಾಗ ಕೈ ನಿಂತಿತು. ಅಲ್ಲಿ ಒಂದು ಕಡೆಯಿಂದ ಅರ್ಧ ಚೌಕ, ಇನ್ನೊಂದು ಕಡೆಯಿಂದ ಅರ್ಧ ಚೌಕ, ನಡುವೆ ಬರಿಯ ಬಿಳಿ. ಬಾಯಿಯ ಹತ್ತಿರ ಕರೆ ನೀರು ಬಿದ್ದ ಶಾಯಿಯಂತೆ ಮಂಕಾಗಿತ್ತು.

"ಯಾರೋ ಕೌದಿ ಹರದು ಅಂಟಿಸ್ದಂಗ ಆಗ್ಯಾದಲ್ರಿ ಇದು."

ಒಂದು ಕ್ಷಣ ಸಾಕಿತ್ತು. ನಾನು ಕೆಡಿಸಿದೆ ಎನ್ನಲು ಮೂರು ಪದವೂ ಬೇಕಿರಲಿಲ್ಲ. ಆದರೆ ಅಂಗಡಿಯಲ್ಲಿ ಝೆರಾಕ್ಸಿಗೆ ಬಂದವರು ನಾಲ್ಕು ಜನ ನಿಂತಿದ್ದರು.

"ನಮ್ಮಕ್ಕ ಅಳತಿ ತಪ್ಪಿ ಹೊಲದಾಳ್ರಿ ಮೇಡಂ. ಗುಂಡಂದು ಆಕಿಗೆ ತಿಳಿಯಂಗಿಲ್ಲ. ನಾ ಬ್ಯಾರೆ ಮಾಡಿ ಕೊಡ್ತೀನಿ."

ಮೂರು ದಿನದಲ್ಲಿ ಹೊಸ ಮಗ್ ತರಿಸಿ, ಯಾವುದೋ ಗುಲಾಬಿ ಹೂವಿನ ಚಿತ್ರ ಹಾಕಿ ಕೊಟ್ಟೆ. ಮಗ್ಗಿನ ಮೇಲೆ ಒಮ್ಮೆ ಕೂತ ಬಣ್ಣ ಮೇಲಿನ ಲೇಪದೊಳಕ್ಕೆ ಇಳಿದುಬಿಡುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಕೆಟ್ಟ ನಲವತ್ತೆರಡನ್ನೂ ಅಟ್ಟದ ಮೇಲೆ ಇಟ್ಟೆ. ಮೇಡಂ ಅಕ್ಕನಿಗೆ ಫೋನ್ ಮಾಡಿ, ಈ ವರ್ಷ ಕೌದಿ ಕಲಿಸುವುದು ಬೇಡವೆಂದು ಸೌಮ್ಯವಾಗಿಯೇ ಹೇಳಿದ್ದರು. ಅಳತೆಯ ಮಾತನ್ನೂ ಹೇಳಿದ್ದರು.

ಅಕ್ಕ ನನಗೆ ಫೋನ್ ಮಾಡಿದಳು. ಸಿಟ್ಟಿರಲಿಲ್ಲ.

"ನಾ ಅಳತಿ ತಪ್ಪಿನೇನೋ ತಮ್ಮಾ?"

"ಸ್ವಲ್ಪ ಹೆಚ್ಚುಕಮ್ಮಿ ಆಗಿತ್ತು ಬಿಡು."

"ಎಷ್ಟು?"

ಗಿರಾಕಿ ಬಂದಿದ್ದಾರೆ ಎಂದು ಫೋನ್ ಇಟ್ಟೆ. ಬೈದಿದ್ದರೆ ಜಗಳವಾಡಿ ಮರೆಯುತ್ತಿದ್ದೆನೋ ಏನೋ. ಅವಳು ನಂಬಿದಳು. ಹದಿನೈದು ದಿನಕ್ಕೆ ಇನ್ನೊಂದು ಪುಟ್ಟ ಕೌದಿ ಬಸ್ಸಿನಲ್ಲಿ ಬಂತು. ಈ ಸಲ ಒಂದು ಬೆರಳು ಗಿಡ್ಡ. ತಿಂಗಳಿಗೆ ಮೂರನೆಯದು ಬಂತು, ಅದು ಉದ್ದ. ಅಂಚು ಒಂದರಲ್ಲಿ ತೆಳ್ಳಗೆ, ಒಂದರಲ್ಲಿ ಇಲ್ಲವೇ ಇಲ್ಲ. ನಲವತ್ತು ವರ್ಷ ದಾಟಿದ ಕೈ, ಕಣ್ಣಳತೆಯಲ್ಲಿ ಬಟ್ಟೆ ಹರಿಯುತ್ತಿದ್ದ ಕೈ, ತಪ್ಪೆಲ್ಲಿ ಎಂದು ಹುಡುಕುತ್ತಿತ್ತು. ಭಾವ ಒಮ್ಮೆ ಶಹಾಪುರಕ್ಕೆ ಬಂದಾಗ, "ನಿಮ್ಮ ಅಕ್ಕ ಊರಿನವರ ಕೌದಿ ಹೊಲ್ಯಾಕ ತೊಗೊಳ್ಳೋದೇ ಬಿಟ್ಟಾಳ. ನನಗ ಅಳತಿ ಬರಂಗಿಲ್ಲ ಅಂತಾಳ" ಎಂದರು.

ಅವರು ಹೋದ ಮೇಲೆ ಅಂಗಡಿಯ ಅರ್ಧ ಬಾಗಿಲು ಎಳೆದು, ಮೊದಲಿನ ಕೌದಿಯ ಸ್ಕ್ಯಾನ್ ತೆರೆದೆ. ಏನೂ ಮುಟ್ಟಲಿಲ್ಲ. ಅವಳ ಅಳತೆಯಲ್ಲೇ ಪ್ರಿಂಟ್ ತೆಗೆದು ಮಗ್ಗಿಗೆ ಸುತ್ತಿದೆ. ಕಾಗದ ಹಿಡಿಕೆಯ ಎರಡೂ ಬದಿಗೆ ಸರಿಸಮನಾಗಿ ಬಂದು ನಿಂತಿತು, ನಾನು ಎಳೆದಾಡಬೇಕಾಗಲೇ ಇಲ್ಲ. ಮಷಿನ್ನಿನಿಂದ ತೆಗೆದು, ಕಾಗದ ಬಿಡಿಸಿ, ತಣ್ಣಗಾಗಲು ಬಿಟ್ಟೆ. ಕಪ್ಪು ಅಂಚು ಹಿಡಿಕೆಯ ಆಚೆ ಈಚೆ ನೆಟ್ಟಗೆ ನಿಂತಿತ್ತು. ನಡುವಿನ ಬಿಳಿ ಈಗ ಖಾಲಿ ಜಾಗವಾಗಿ ಕಾಣಲಿಲ್ಲ, ಅಲ್ಲಿ ಕೌದಿ ಮುಗಿದಿದೆ ಅಷ್ಟೇ. ಮೇಲಿನ ಕರೆಯೂ ಬಾಯಿಯಿಂದ ಬೇಕಾದಷ್ಟೇ ಕೆಳಗಿತ್ತು. ಇಷ್ಟು ವರ್ಷ ನಾನು ಹಿಡಿಕೆಯ ಹತ್ತಿರದ ಬಿಳಿಯನ್ನು ಮುಚ್ಚಿಡಲು ನೋಡುತ್ತಿದ್ದೆ. ಅವಳು ಒಂದೇ ಮಗ್ ಕೈಯಲ್ಲಿ ಹಿಡಿದು, ಅದಕ್ಕೆ ಚೌಕಟ್ಟು ಹಾಕಿದ್ದಳು.

ಮಾರನೆಯ ದಿನ ಸುರಪುರಕ್ಕೆ ಹೋಗಿ ಅಕ್ಕನನ್ನು ಹೊರಡಿಸಿದೆ. ಹಾಸ್ಟೆಲಿನ ಮೇಡಂ ಹತ್ತಿರ ಹೋಗಬೇಕು ಎಂದಷ್ಟೇ ಹೇಳಿದೆ. ಬಸ್ಸಿನಲ್ಲೇ ಹೇಳಬಹುದಿತ್ತು. ಶಹಾಪುರ ದಾಟಿತು, ಕಾಲುವೆ ನೀರಿನ ಭತ್ತದ ಗದ್ದೆಗಳು ದಾಟಿದವು, ಹೇಳಲಿಲ್ಲ. ಸುಳ್ಳು ಯಾರ ಮುಂದೆ ಹೇಳಿದ್ದೆನೋ ಅವರ ಮುಂದೆಯೇ ಹೇಳಬೇಕು ಎಂದು ನನಗೆ ನಾನೇ ನೆಪ ಕೊಟ್ಟುಕೊಂಡೆ. ಆ ನೆಪ ಮಾತ್ರ ಸರಿಯಾಗಿತ್ತು.

ಹಾಸ್ಟೆಲಿನ ಪಡಸಾಲೆಯಲ್ಲಿ ಮೇಡಂ ನಾನು ತಂದಿದ್ದ ಹೊಸ ಮಗ್ ತೆಗೆದುಕೊಂಡು ಪೂರ್ತಿ ಒಂದು ಸುತ್ತು ತಿರುಗಿಸಿದರು.

"ನೋಡ್ರಿ, ಈ ಸಲ ಅಳತಿ ಹೆಂಗ ಬರೋಬರಿ ಕೂಡ್ಯಾದ. ಮೊದಲೇ ಹಿಂಗ ಹೊಲಿದಿದ್ರ ಆಗ್ತಿತ್ತಲ್ಲ ಅಕ್ಕಾವ್ರೇ?"

ಅಕ್ಕ ಮಗ್ ಈಸಿಕೊಂಡಳು. ಹೆಬ್ಬೆರಳಿನಿಂದ ಅಂಚು ಸವರಿದಳು. ಹಳದಿ ಚೌಕದ ಮೂಲೆಯಲ್ಲಿ, ಮೊದಲ ಕೌದಿ ಹೊಲಿಯುವಾಗ ದಾರ ಸಾಲದೆ ಅವಳು ಗಂಟು ಹಾಕಿದ್ದ ಒಂದು ಜಾಗವಿತ್ತು, ಅಲ್ಲಿ ಅವಳ ಬೆರಳು ನಿಂತಿತು.

"ಇಲ್ರಿ ಮೇಡಂ," ಎಂದಳು. "ಇದು ಮೊದಲಿನ ಕೌದೀನೇ ಅದ."

ಮೇಡಂ ನನ್ನ ಕಡೆ ನೋಡಿದರು. ಅಕ್ಕ ನೋಡಲಿಲ್ಲ, ಮಗ್ಗನ್ನೇ ನೋಡುತ್ತಿದ್ದಳು. ಒಳಗಿನಿಂದ ಹುಡುಗಿಯರು ತಟ್ಟೆ ತೊಳೆಯುವ ಸದ್ದು ಬರುತ್ತಿತ್ತು. ಕುಳಿತಿದ್ದ ನಾನು ಎದ್ದು ನಿಂತೆ.

"ಆಕಿ ಅಳತಿ ಎಂದೂ ತಪ್ಪಿದ್ದಿಲ್ರಿ ಮೇಡಂ. ಅಂಚು ಕತ್ತರಿಸ್ದಾವ ನಾನು, ಹಿಗ್ಗಿಸಿ ಕೆಡಿಸ್ದಾವ ನಾನು. ನಿಮ್ಮ ಮುಂದ ಆಕಿ ಮ್ಯಾಲ ಹಾಕಿದೆ. ಅಕ್ಕಾ, ನೀ ಕೇಳ್ದಾಗೂ ನಿನಗ ಸುಳ್ಳೇ ಹೇಳಿದೆ. ನಿನ್ನ ಕೈಮ್ಯಾಲ ನಿನಗೇ ನಂಬಿಕಿ ಇಲ್ದಂಗ ಮಾಡಿದೆ. ತಪ್ಪಾಯ್ತವ್ವ, ನನ್ನ ಕ್ಷಮಿಸು."