ಒಲಿಂಪಿಕ್ ಪಾಠದ ಹನ್ನೆರಡನೇ ಪ್ರಶ್ನೆ

ದೆಹಲಿಯಲ್ಲಿ ಎರಡನೇ ಸಲ ಏಷ್ಯನ್ ಕ್ರೀಡಾಕೂಟ ನಡೆದ ವರ್ಷ ನಾನು ಮಲೆನಾಡಿನ ಬಣಕಲ್ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಯ ಟೀಚರ್. ಬಯಲುಸೀಮೆಯಿಂದ ಬಂದು ಎರಡು ವರ್ಷವಾಗಿತ್ತು. ನನಗಿಂತ ಚೆನ್ನಾಗಿ ಪಾಠ ಮಾಡುವವರು ಈ ತಾಲ್ಲೂಕಿನಲ್ಲಿ ಇಲ್ಲ ಎಂಬ ಒಂದು ಗುಟ್ಟಿನ ನಂಬಿಕೆ ನನಗಿತ್ತು. ಗುಟ್ಟೇನು ಬಂತು, ಹೆಡ್‌ಮೇಷ್ಟ್ರಿಗೂ ಅದು ಗೊತ್ತಿತ್ತು.

ಆ ಅಕ್ಟೋಬರಿನಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ಅಂತರರಾಷ್ಟ್ರೀಯ ಕ್ರೀಡಾಕೂಟಗಳ ಇತಿಹಾಸ ಮತ್ತು ಆದರ್ಶಗಳ ಬಗ್ಗೆ ರಸಪ್ರಶ್ನೆ ಮತ್ತು ಚಟುವಟಿಕೆ ಸೇರಿಸಿ ಒಂದು ಮಾದರಿ ಪಾಠ ಸಿದ್ಧಪಡಿಸಬೇಕು, ಇನ್‌ಸ್ಪೆಕ್ಟರು ಬಂದು ನೋಡುತ್ತಾರೆ ಎಂದು. ಹೆಡ್‌ಮೇಷ್ಟ್ರು ಅದನ್ನು ನನ್ನ ಮೇಜಿನ ಮೇಲೆ ಇಟ್ಟು, "ನಿಮಗೇ ಸರಿ ಇದು, ಮಾರಾಯ್ರೆ" ಎಂದು ಹೊರಟುಹೋದರು. ನಮ್ಮ ಶಾಲೆಯಲ್ಲಿ ಆಗ ಇದ್ದದ್ದು ಒಂದು ಒಡೆದ ಗ್ಲೋಬು, ಗಾಳಿಯಿಲ್ಲದ ಒಂದು ಚೆಂಡು.

ನಾನು ಪಕ್ಕದ ಎಸ್ಟೇಟಿನ ಬಂಗಲೆಗೆ ಹೋಗಿ ಯಜಮಾನತಿಯವರನ್ನು ಕೇಳಿ, ದಪ್ಪ ಇಂಗ್ಲಿಷ್ ವಿಶ್ವಕೋಶದ ಎರಡು ಸಂಪುಟ ತಂದೆ. ನಾಲ್ಕು ಸಂಜೆ ಕೂತು ಓದಿದೆ. ತರಗತಿಯ ಮೂವತ್ತು ಮಕ್ಕಳನ್ನು ಐದು ತಂಡ ಮಾಡಿದೆ, ಒಲಿಂಪಿಕ್ ಬಾವುಟದ ಐದು ಉಂಗುರಗಳಿಗೆ ಐದು. ಬಣಕಲ್‌ನ ಸೈಕಲ್ ಅಂಗಡಿಯವರು ಐದು ಹಳೇ ಟೈರು ಕೊಟ್ಟರು. ನೀಲಿ, ಹಳದಿ, ಕಪ್ಪು, ಹಸಿರು, ಕೆಂಪು ಕಾಗದ ಸುತ್ತಿದೆವು. ಒಂದೊಂದು ಬಣ್ಣ ಒಂದೊಂದು ಖಂಡಕ್ಕೆ ಎಂದು ಹೆಡ್‌ಮೇಷ್ಟ್ರು ಹಟ ಹಿಡಿದರು. ಹಾಗಲ್ಲ ಸಾರ್, ಐದು ಉಂಗುರ ಸೇರಿ ಐದು ಖಂಡ, ಬಣ್ಣಗಳನ್ನು ಆರಿಸಿದ್ದು ಎಲ್ಲ ದೇಶಗಳ ಬಾವುಟಗಳನ್ನು ನೋಡಿ ಎಂದು ಪುಸ್ತಕ ತೆರೆದು ತೋರಿಸಿದೆ. ಗೆದ್ದೆ ಎಂದು ನನಗೆ ಖುಷಿಯಾಯಿತು.

ಒಟ್ಟು ಹನ್ನೆರಡು ಪ್ರಶ್ನೆ. ಜಾಣರೇ ಎಲ್ಲದಕ್ಕೂ ಬಾಯಿ ಹಾಕದಂತೆ, ತಂಡದಲ್ಲಿ ಸರದಿ ಬಂದವರು ಮಾತ್ರ ಉತ್ತರ ಹೇಳಬೇಕು. ಹತ್ತು ಎಣಿಸುವುದರೊಳಗೆ ಬಾರದಿದ್ದರೆ ಮುಂದಿನ ತಂಡಕ್ಕೆ. ಮೊದಲು ಸುಲಭದವು: ಮೊದಲ ಏಷ್ಯನ್ ಕ್ರೀಡಾಕೂಟ ಎಲ್ಲಿ ನಡೆಯಿತು? ದೆಹಲಿಯಲ್ಲಿ. ಆಮೇಲೆ ಸ್ವಲ್ಪ ಕಷ್ಟದವು: ಹೊಸ ಕಾಲದ ಒಲಿಂಪಿಕ್ಸ್ ಮೊದಲು ನಡೆದ ಊರು ಯಾವುದು? ಅಥೆನ್ಸ್. ಆ ಸಲ ಅಲ್ಲಿ ಎಷ್ಟು ಹೆಂಗಸರು ಓಡಿದರು? ಒಬ್ಬರೂ ಇಲ್ಲ, ಅವರಿಗೆ ಅವಕಾಶವೇ ಇರಲಿಲ್ಲ. ಈ ಉತ್ತರ ಕೇಳಿ ಹುಡುಗಿಯರು ಓ ಎಂದು ಕೂಗಬೇಕು, ಅಲ್ಲಿ ಎರಡು ನಿಮಿಷ ಚರ್ಚೆ ಎಂದು ಪಾಠ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ.

ರಸಪ್ರಶ್ನೆಯ ಕೊನೆಯ ಪ್ರಶ್ನೆಯೇ ಚಟುವಟಿಕೆಗೆ ಬಾಗಿಲು ತೆರೆಯಬೇಕು ಎಂದು ತರಬೇತಿಯಲ್ಲಿ ನಮಗೆ ಕಲಿಸಿದ್ದರು. ನನ್ನ ಚಟುವಟಿಕೆ ಪ್ರತಿಜ್ಞೆ, ಓಟ, ಎಲೆಯ ಕಿರೀಟ. ಹಳೇ ಗ್ರೀಸಿನ ಒಲಿಂಪಿಯಾದಲ್ಲಿ ಗೆದ್ದವರಿಗೆ ಕಾಡು ಆಲಿವ್ ಮರದ ಕೊಂಬೆಯ ಕಿರೀಟ ಬಿಟ್ಟರೆ ಅಲ್ಲಿ ಬೇರೆ ಬಹುಮಾನವಿಲ್ಲ. ವಿಶ್ವಕೋಶದ ಒಂದು ಮೂಲೆಯಲ್ಲಿ ಇನ್ನೊಂದು ಸಂಗತಿ ಸಿಕ್ಕಿತು: ಆ ಕೊಂಬೆಯನ್ನು ಕಡಿಯುವವನು ತಂದೆ ತಾಯಿ ಇಬ್ಬರೂ ಬದುಕಿರುವ ಒಬ್ಬ ಹುಡುಗ. ಚಿನ್ನದ ಕುಡುಗೋಲಿನಿಂದ ಕಡಿಯಬೇಕು. ನಾನು ಕುಣಿದಾಡುವುದೊಂದು ಬಾಕಿ. ಇದಕ್ಕಿಂತ ಒಳ್ಳೆಯ ಬಾಗಿಲು ಎಲ್ಲಿ ಸಿಗಬೇಕು? ಹನ್ನೆರಡನೇ ಪ್ರಶ್ನೆ ಅದೇ ಆಯಿತು: ಕಿರೀಟದ ಕೊಂಬೆಯನ್ನು ಕಡಿಯುತ್ತಿದ್ದವರು ಯಾರು?

ನಮ್ಮಲ್ಲಿ ಆಲಿವ್ ಎಲ್ಲಿಂದ ಬರಬೇಕು, ಶಾಲೆಯ ಅಂಗಳದ ನೇರಳೆ ಮರವೇ ಸಾಕು. ಕಡಿಯುವ ಕೆಲಸಕ್ಕೆ ಒಬ್ಬ ಹುಡುಗಿಯನ್ನು ಆರಿಸಿದ್ದೆ. ಎಸ್ಟೇಟ್ ಲೈನಿನ ಹುಡುಗಿ, ಲೈನ್ ಎಂದರೆ ತೋಟದ ಕೆಲಸಗಾರರ ಸಾಲುಮನೆ. ಓಟದಲ್ಲಿ ಗಂಡುಹುಡುಗರನ್ನೂ ಹಿಂದೆ ಹಾಕುತ್ತಿದ್ದವಳು. ಪ್ರಶ್ನೆಗಳನ್ನು ನನ್ನ ಜೊತೆ ಕೂತು ಚೆನ್ನಾದ ಅಕ್ಷರದಲ್ಲಿ ಚೀಟಿಗಳಿಗೆ ಬರೆದವಳೂ ಅವಳೇ, ಹನ್ನೆರಡನೆಯದನ್ನು ಬಿಟ್ಟು. ಅದನ್ನು ಮಾತ್ರ ನಾನು ಇನ್‌ಸ್ಪೆಕ್ಟರು ಬರುವ ಹಿಂದಿನ ಸಂಜೆ ಸೇರಿಸಿದ್ದು. ಪುಸ್ತಕದ ಹುಡುಗನನ್ನು ಹುಡುಗಿ ಮಾಡಲು ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ, ಅದು ನನ್ನ ಪ್ರಗತಿ ಎಂದುಕೊಂಡೆ. ಅವಳು ಮನೆಯಿಂದ ಮಚ್ಚಿನಂಥ ಒಂದು ಕತ್ತಿ ತಂದಳು, ಹಿಡಿ ಸವೆದು ನುಣ್ಣಗಾಗಿತ್ತು. ಆ ಹಿಡಿಗೆ ಚಿನ್ನದ ಬಣ್ಣದ ಬೇಗಡೆ ಕಾಗದ ಸುತ್ತಿದೆವು.

ಇನ್‌ಸ್ಪೆಕ್ಟರು ಬಂದ ದಿನ ಪಾಠ ನಾನು ಬರೆದಂತೆಯೇ ನಡೆಯಿತು. ಓ ಎಂದು ಕೂಗಬೇಕಾದಲ್ಲಿ ಹುಡುಗಿಯರು ಕೂಗಿದರು. ಹನ್ನೆರಡನೇ ಪ್ರಶ್ನೆಗೆ ಉಳಿದ ನಾಲ್ಕೂ ತಂಡ ಸೋತು, ಕೆಂಪು ತಂಡದ ಸರದಿ ಬಂತು. ಸರದಿ ಅವಳದೇ. ಅವಳಿಗೂ ಗೊತ್ತಿರಲಿಲ್ಲ. ಹತ್ತು ಎಣಿಸಿ ಮುಗಿದ ಮೇಲೆ ನಾನೇ ನಾಟಕೀಯವಾಗಿ, ಎರಡೂ ಕೈ ಚಾಚಿ ಹೇಳಿದೆ: "ತಂದೆ ತಾಯಿ ಇಬ್ಬರೂ ಬದುಕಿರುವ ಮಗು!"

ಹೇಳಿದ್ದೇ ತಡ, ತರಗತಿ ಸದ್ದಿಲ್ಲದೆ ಅವಳ ಕಡೆ ತಿರುಗಿತು. ಅವಳು ಕತ್ತಿ ಹಿಡಿದು ಎದ್ದು ನಿಂತಿದ್ದಳು, ಮುಂದಿನದು ಅವಳ ಕೆಲಸವಲ್ಲವೆ? ಒಮ್ಮೆ ಕತ್ತಿ ನೋಡಿದಳು. ಆಮೇಲೆ ಪಕ್ಕದಲ್ಲಿದ್ದ, ಜಾವಳಿ ಊರಿನ ಕಡೆಯ ಹುಡುಗಿಯ ಕೈಗೆ ಅದನ್ನು ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು. ಅಳಲಿಲ್ಲ, ಮುಖವನ್ನೂ ಸಿಂಡರಿಸಲಿಲ್ಲ.

ಅವಳ ಅಪ್ಪ ಸತ್ತು ಮೂರು ವರ್ಷವಾಗಿತ್ತು. ನನಗೆ ಗೊತ್ತಿರಲಿಲ್ಲ ಎನ್ನುವಂತೆಯೂ ಇರಲಿಲ್ಲ, ದಾಖಲೆ ಪುಸ್ತಕದಲ್ಲಿ ಪೋಷಕರು ಎಂಬ ಜಾಗದಲ್ಲಿ ಅವಳ ಅಮ್ಮನ ಹೆಸರನ್ನು ಬರೆದವಳು ನಾನೇ. ಇನ್‌ಸ್ಪೆಕ್ಟರು ಕೂತಿದ್ದಾರೆ, ಪಾಠ ನಿಲ್ಲಬಾರದು ಎಂಬುದೊಂದೇ ತಲೆಯಲ್ಲಿತ್ತು. ಆ ಇನ್ನೊಂದು ಹುಡುಗಿ ಹೋಗಿ ಕೊಂಬೆ ಕಡಿದಳು. ಓಟ ನಡೆಯಿತು. ಕಿರೀಟ ಯಾರ ತಲೆಗೆ ಹೋಯಿತೋ, ನನಗೆ ಇವತ್ತಿಗೂ ನೆನಪಿಲ್ಲ.

ಇನ್‌ಸ್ಪೆಕ್ಟರು ನನ್ನ ಬೆನ್ನು ತಟ್ಟದಿದ್ದುದೊಂದೇ ಕಡಿಮೆ. "ಮಕ್ಕಳು ನಿಯಮವನ್ನು ತಾವಾಗಿಯೇ ಪಾಲಿಸಿದ್ರಲ್ಲ, ಅದು ಬಹಳ ಚೆನ್ನಾಗಿತ್ತು" ಎಂದರು. ಟಿಪ್ಪಣಿಯನ್ನು ಸೈಕ್ಲೋಸ್ಟೈಲ್ ಮಾಡಿಸಿ ತಾಲ್ಲೂಕಿನ ಎಲ್ಲ ಶಾಲೆಗೂ ಕಳಿಸುವುದಾಗಿಯೂ, ಹದಿನೈದು ದಿನ ಬಿಟ್ಟು ಬರುವ ಶನಿವಾರ ಸುತ್ತಲಿನ ಮೇಷ್ಟ್ರುಗಳು ನಮ್ಮಲ್ಲಿಗೇ ಬಂದು ಪಾಠ ನೋಡಬೇಕೆಂದೂ ಹೇಳಿ ಜೀಪು ಹತ್ತಿದರು. ತಾಲ್ಲೂಕಿನ ಒಂದೊಂದು ತರಗತಿಯಲ್ಲೂ ಒಂದೊಂದು ಮಗು ಹೀಗೆ ಗೋಡೆಗೆ ಸರಿಯುವುದು ನನ್ನ ಕಣ್ಣಿಗೆ ಕಟ್ಟಿತು. ಅವರಿಗೆ ಹೇಳಿದೆನೇ? ಇಲ್ಲ. "ಥ್ಯಾಂಕ್ಸ್ ಸಾರ್" ಎಂದೆ.

ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಒಂದು ವಾರ ಕಳೆಯಿತು. ಕಾಫಿ ಹಣ್ಣಿನ ಕೊಯ್ಲು ಶುರುವಾಗುವ ಹೊತ್ತು. ಆಗ ತೋಟಕ್ಕೆ ಇಳಿದ ಮಕ್ಕಳು ಅನೇಕ ಸಲ ಶಾಲೆಗೆ ವಾಪಸಾಗುವುದೇ ಇಲ್ಲ, ಅದೂ ಏಳನೇ ತರಗತಿಯ ಹುಡುಗಿಯರು. ಬುಧವಾರ ಶಾಲೆ ಬಿಟ್ಟ ಮೇಲೆ ಕತ್ತಿಯನ್ನು ಚೀಲದಲ್ಲಿಟ್ಟುಕೊಂಡು ಲೈನಿಗೆ ನಡೆದೆ.

ಅವಳ ಅಮ್ಮ ಆಗಷ್ಟೇ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದರು. ಕತ್ತಿ ಕೊಟ್ಟೆ. ಸೀರೆಯ ಸೆರಗಿನಿಂದ ಬೇಗಡೆಯ ಮೇಲಿನ ಧೂಳು ಒರೆಸಿದರು.

"ಇದು ಅವರ ಕತ್ತಿ ಟೀಚರೇ. ಮರಗಸಿಗೆ ಹತ್ತಿದವರು ಸಿಲ್ವರ್ ಓಕಿಂದ ಬಿದ್ರಲ್ಲ, ಆಗ ಕೈಯಲ್ಲಿದ್ದದ್ದು."

ಮರಗಸಿ ಎಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ. ಅವಳ ಅಪ್ಪನ ಕೆಲಸವೇ ಕೊಂಬೆ ಕಡಿಯುವುದು. ಅದಕ್ಕೇ ಆ ಮಗು ಆ ಕತ್ತಿಯನ್ನು ತಂದದ್ದು. ನಾನು ಕೇಳದೆಯೇ ಜಗಲಿಯ ಮೇಲೆ ಕೂತೆ.

"ನನ್ನ ತಪ್ಪು. ಅವಳು ಹಿಂದೆ ಸರಿಯೋ ಹಾಗೆ ನಾನು ಮಾಡಬಾರದಿತ್ತು" ಎಂದೆ.

"ನೀವೇನು ಮಾಡಿದ್ರಿ?" ಆ ತಾಯಿಗೆ ಸಿಟ್ಟೇ ಇರಲಿಲ್ಲ. "ನಾನು ಮದುವೆ ಮನೇಲಿ ಆರತಿ ಎತ್ತೋ ಹೊತ್ತಿಗೆ ಯಾರೂ ಹೇಳೋ ಮೊದಲೇ ಒಳಗೆ ಹೋಗ್ತೀನಿ. ಅವಳು ನೋಡ್ತಾಳಲ್ಲ. ಹಿಂದೆ ಸರಿಯೋದನ್ನ ನನ್ನ ನೋಡೇ ಕಲಿತಿದ್ದಾಳೆ."

ಪಾಠದ ದಿನ ನಾನು ಎಲ್ಲರಿಗೂ ಸಮಾನ ಅವಕಾಶ ಎಂದು ಹಲಗೆಯ ಮೇಲೆ ದೊಡ್ಡದಾಗಿ ಬರೆದು, ಅದರ ಕೆಳಗೇ ಆ ಮಗುವನ್ನು ಅವಳ ಅಮ್ಮನ ಜಾಗಕ್ಕೆ ತಳ್ಳಿದ್ದೆ.

ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. "ಆ ಪ್ರಶ್ನೆ ತೆಗೆದುಹಾಕ್ತೀನಿ, ನೀನು ಬಾ" ಎಂದೆ.

"ದಿಲ್ಲೀಲಿ ಓಡೋರನ್ನೂ ಹಾಗೆ ಕೇಳ್ತಾರಾ ಟೀಚರ್, ಅಪ್ಪ ಇದಾರಾ ಅಂತ?"

"ಇಲ್ಲ. ಯಾರೂ ಕೇಳಲ್ಲ."

"ಮತ್ತೆ ನೀವ್ಯಾಕೆ ಕೇಳಿದ್ರಿ?"

"ಪುಸ್ತಕದಲ್ಲಿತ್ತು."

ಅವಳು ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ತೆಗೀಬೇಡಿ. ಅವರು ಹಾಗೆ ಮಾಡ್ತಿದ್ದದ್ದು ನಿಜ ಅಲ್ವಾ? ಹೆಂಗಸರನ್ನ ಓಡೋಕೆ ಬಿಡ್ತಿರಲಿಲ್ಲ ಅನ್ನೋದನ್ನ ಇಟ್ಟಿದ್ದೀರಲ್ಲ. ಅಲ್ಲಿ ಸರಿಯಾ ತಪ್ಪಾ ಅಂತ ಮಾತಾಡಿದ್ವಿ. ಇಲ್ಲಿ ನೀವು ಮಾತಾಡೋಕೆ ಬಿಡ್ಲೇ ಇಲ್ಲ."

ಹನ್ನೆರಡು ವರ್ಷದ ಹುಡುಗಿ ನನ್ನ ಪಾಠ ಟಿಪ್ಪಣಿಯ ತಪ್ಪನ್ನು ಬೆರಳಿಟ್ಟು ತೋರಿಸಿದಳು. ಇತಿಹಾಸ ಯಾವುದು, ಆದರ್ಶ ಯಾವುದು ಎಂದು ಬಿಡಿಸಿ ಕೇಳದೆ, ಇತಿಹಾಸವನ್ನೇ ಚಟುವಟಿಕೆ ಮಾಡಿ ಆಡಿಸಿದ್ದೆ. ತರಬೇತಿಯ ಅಷ್ಟೂ ಮೇಷ್ಟ್ರುಗಳು ಸೇರಿ ನನಗೆ ಅದನ್ನು ಹೇಳಿರಲಿಲ್ಲ. ಬರುತ್ತೇನೆ ಎಂದು ಅವಳು ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಮರುದಿನ ಮೂಡಿಗೆರೆಗೆ ಬಸ್ಸು ಹಿಡಿದು ಇನ್‌ಸ್ಪೆಕ್ಟರ ಕಚೇರಿಗೆ ಹೋಗಿ, ಟಿಪ್ಪಣಿ ಬದಲಾಯಿಸಬೇಕು ಎಂದೆ. ಅವರು ಕೇಳಿಸಿಕೊಂಡು, ಅಷ್ಟು ಚಿಕ್ಕ ವಿಷಯಕ್ಕೆ ಇಷ್ಟು ದೂರ ಬಂದಿರಾ ಎಂದರು. ಪ್ರತಿಗಳಿನ್ನೂ ಅಚ್ಚಾಗಿರಲಿಲ್ಲ, ಅದೊಂದು ಪುಣ್ಯ. ಹದಿಮೂರನೇ ಪ್ರಶ್ನೆಯನ್ನು ಅಲ್ಲೇ ನಿಂತು ಕೈಯಾರೆ ಬರೆದೆ: ಇದು ಸರಿಯೇ?

ಗೊತ್ತು ಮಾಡಿದ್ದ ಆ ಶನಿವಾರ ಮೇಷ್ಟ್ರುಗಳು ಗೋಡೆಯುದ್ದಕ್ಕೂ ಬೆಂಚು ಹಾಕಿಕೊಂಡು ಕೂತರು. ರಸಪ್ರಶ್ನೆ ಶುರುವಾಗುವ ಹೊತ್ತಿಗೆ ಅವಳು ಬಂದು ಕೆಂಪು ಟೈರಿನ ಹಿಂದೆ ಕೂತಳು. ಚೀಲ ತಂದಿದ್ದಳು. ಹನ್ನೆರಡನೇ ಪ್ರಶ್ನೆಗೆ ಈಗ ಎಲ್ಲರಿಗೂ ಉತ್ತರ ಗೊತ್ತು. ಹದಿಮೂರನೆಯದನ್ನು ಕೇಳಿದೆ. ನಾನು ಹತ್ತು ಎಣಿಸುವುದನ್ನೂ ಮರೆತೆ.

ಕೊನೆಗೆ ಎದ್ದವಳು ಜಾವಳಿ ಕಡೆಯ ಆ ಹುಡುಗಿ. "ಸರಿ ಇಲ್ಲ ಟೀಚರ್" ಎಂದಳು. "ಅವತ್ತು ಇವಳು ಕತ್ತಿ ಕೊಟ್ಟಾಗ ನಾನು ತಗೊಂಡ್ಬಿಟ್ಟೆ. ತಗೋಬಾರದಿತ್ತು."

ಹದಿನೈದು ದಿನ ಆ ಮಗು ಅದನ್ನು ಹೊತ್ತುಕೊಂಡು ತಿರುಗಿತ್ತು, ಅದೂ ನನಗೆ ಕಂಡಿರಲಿಲ್ಲ. ಅಷ್ಟು ಮೇಷ್ಟ್ರುಗಳ ಮುಂದೆ ನಾನು ಹೇಳಿದೆ: "ತಪ್ಪು ನಿನ್ನದಲ್ಲ. ಅವತ್ತು ಅವಳು ಗೋಡೆಗೆ ಸರಿದದ್ದು ನನ್ನಿಂದ. ನೋಡಿಯೂ ಸುಮ್ಮನಿದ್ದೆ."

ಯಾರೋ ಒಬ್ಬ ಮೇಷ್ಟ್ರು ಕೆಮ್ಮಿದರು. ಈಗ ಕೊಂಬೆ ಯಾರು ಕಡಿಯಬೇಕು ಎಂದು ತರಗತಿಯನ್ನೇ ಕೇಳಿದೆ. ಎಲ್ಲರೂ ಲೈನಿನ ಹುಡುಗಿಯತ್ತ ನೋಡಿದರು. ಅವತ್ತು ನೋಡಿದ್ದ ಅವೇ ಕಣ್ಣುಗಳು.

ಅವಳು ಎದ್ದು ಚೀಲದಿಂದ ಕತ್ತಿ ತೆಗೆದಳು. ಅಂಗಳಕ್ಕೆ ಹೋಗಿ, ನೇರಳೆ ಮರದ ಕೆಳಗೆ ನಿಂತು, ಮೊದಲು ಬೇಗಡೆ ಕಾಗದವನ್ನೆಲ್ಲ ಸುಲಿದು ನನ್ನ ಕೈಗೆ ಕೊಟ್ಟಳು.

"ಹಿಡಿಗೆ ಏನಾದ್ರೂ ಸುತ್ತಿದ್ರೆ ಕೈ ಜಾರತ್ತೆ ಟೀಚರ್. ಅಪ್ಪ ಹೇಳ್ತಿದ್ರು" ಎಂದಳು, ಮತ್ತು ಒಂದೇ ಏಟಿಗೆ ಕೊಂಬೆ ಕಡಿದಳು.